ಒಳಪಟ್ಟಿಯಿಂದ ಕೋಷ್ಟಕಕ್ಕೆ: ಮೇಲ್ಘಟಕ ಮತ್ತು ಒಳಘಟಕಗಳನ್ನು ಬೇರ್ಪಡಿಸುವ ಕ್ರಮ

ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಶಾಲೆಗಳಲ್ಲಿ ಪರಿಸರ ಪರಿಚಯಕ್ಕಾಗಿ ಊರುಗಳ ಪಟ್ಟಿಯನ್ನು ಸಿದ್ಧಪಡಿಸುವುದು ವಾಡಿಕೆ. ಶಿಕ್ಷಕರು ಮೊದಲು ಜಿಲ್ಲೆಯ ಹೆಸರನ್ನು ಬರೆಯುತ್ತಾರೆ, ಅದರ ಕೆಳಗೆ ತುಸು ಒಳಸರಿಸಿ ತಾಲೂಕನ್ನು, ಮತ್ತಷ್ಟು ಒಳಸರಿಸಿ ಊರನ್ನು ಬರೆಯುತ್ತಾರೆ. ಕಾಗದದ ಮೇಲೆ ಈ ಪಟ್ಟಿ ಓದಲು ಸುಲಭ. ಆದರೆ ಅದನ್ನು ಸ್ಪ್ರೆಡ್‌ಶೀಟಿಗೆ ಸೇರಿಸಿ ಅಕಾರಾದಿಯಾಗಿ ಜೋಡಿಸಿದೊಡನೆ ಮೈಂದರ್ಗಿ ಯಾವ ತಾಲೂಕಿನದು, ವಳಸಂಗ ಯಾವ ತಾಲೂಕಿನದು ಎಂಬ ಮಾಹಿತಿ ಅಳಿದುಹೋಗುತ್ತದೆ. ಕಡತವನ್ನು ಹಾಗೆಯೇ ಉಳಿಸಿ ಮುಚ್ಚಿದರೆ ಅದನ್ನು ಮರಳಿ ಪಡೆಯುವ ದಾರಿ ಆ ಕಡತದಲ್ಲಿ ಇರುವುದಿಲ್ಲ.

ಇದಕ್ಕೆ ಕಾರಣ ಸ್ಪಷ್ಟ. ಒಳಪಟ್ಟಿಯಲ್ಲಿ ಅರ್ಧ ಅರ್ಥ ಅಕ್ಷರಗಳಲ್ಲಿದ್ದರೆ, ಉಳಿದರ್ಧ ಸ್ಥಾನದಲ್ಲಿರುತ್ತದೆ. ‘ಮೈಂದರ್ಗಿ’ ಎಂಬ ಸಾಲು ತಾನು ಅಕ್ಕಲಕೋಟೆಗೆ ಸೇರಿದ್ದೆಂದು ಎಲ್ಲಿಯೂ ಹೇಳುವುದಿಲ್ಲ; ಅದರ ಮೇಲಿನ ಸಾಲನ್ನು ನೋಡಿ ಓದುಗನೇ ಅದನ್ನು ತಿಳಿದುಕೊಳ್ಳುತ್ತಾನೆ. ಕೋಷ್ಟಕದ ನಿಯಮ ಬೇರೆ. ಅಲ್ಲಿ ಪ್ರತಿಯೊಂದು ಅಡ್ಡಸಾಲೂ ನೆರೆಸಾಲಿನ ಆಸರೆಯಿಲ್ಲದೆ ತನ್ನ ಪೂರ್ಣಾರ್ಥವನ್ನು ತಾನೇ ಹೊತ್ತಿರಬೇಕು. ಆದುದರಿಂದ ಸ್ಥಾನದಲ್ಲಿ ಅಡಗಿರುವ ಅರ್ಥವನ್ನು ಅಕ್ಷರರೂಪಕ್ಕೆ ತಂದು, ‘ಮೇಲ್ಘಟಕ’, ‘ಒಳಘಟಕ’ ಎಂಬ ಎರಡು ಅಂಕಣಗಳಲ್ಲಿ ಇರಿಸುವುದೇ ಇಲ್ಲಿಯ ಕೆಲಸ.

ಉದಾಹರಣೆಯ ಪಟ್ಟಿ

ಮುಂದಿನ ವಿವರಣೆಗೆ ಹನ್ನೆರಡು ಸಾಲುಗಳ ಈ ಪಟ್ಟಿಯನ್ನು ಇಟ್ಟುಕೊಳ್ಳಲಾಗಿದೆ.

```
ಸೊಲ್ಲಾಪುರ
	ಅಕ್ಕಲಕೋಟೆ
		ಅಕ್ಕಲಕೋಟೆ
		ಮೈಂದರ್ಗಿ
		ದುಧನಿ
	ದಕ್ಷಿಣ ಸೊಲ್ಲಾಪುರ
		ಮಂದ್ರೂಪ
		ವಳಸಂಗ
ಕಲಬುರಗಿ
	ಆಳಂದ
	ಅಫಜಲಪುರ
		ಗಾಣಗಾಪುರ
```

ಇದರಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಆಳಂದ ತಾಲೂಕಿನ ಕೆಳಗೆ ಯಾವ ಊರನ್ನೂ ಬರೆದಿಲ್ಲ. ಅಕ್ಕಲಕೋಟೆ ಎಂಬ ಹೆಸರು ಎರಡು ಸಲ ಬಂದಿದೆ, ಏಕೆಂದರೆ ಅದು ತಾಲೂಕಿನ ಹೆಸರೂ ಹೌದು, ಮೈಂದರ್ಗಿ ಮತ್ತು ದುಧನಿಗಳಂತೆ ನಗರಪರಿಷತ್ತುಳ್ಳ ಪಟ್ಟಣದ ಹೆಸರೂ ಹೌದು. ಇವೆರಡೂ ಮುಂದೆ ತೊಡಕನ್ನು ತರುತ್ತವೆ.

ಮೊದಲ ಹಂತ: ಮೆಟ್ಟಿಲಿನ ರೂಪ

ಬರೆಹದ ತಂತ್ರಾಂಶದಲ್ಲಿ ಸಿದ್ಧಪಡಿಸಿದ ಬುಲೆಟ್ ಪಟ್ಟಿಯನ್ನು ನೇರವಾಗಿ ಸ್ಪ್ರೆಡ್‌ಶೀಟಿಗೆ ಅಂಟಿಸಿದರೆ ಎಲ್ಲ ಹೆಸರುಗಳೂ ಒಂದೇ ಅಂಕಣದಲ್ಲಿ ಬೀಳುವ ಸಂಭವವಿದೆ. ಕೆಲವೊಮ್ಮೆ ಬುಲೆಟ್ ಚಿಹ್ನೆಯೂ ಖಾಲಿ ಜಾಗಗಳೂ ಹೆಸರಿಗೆ ಅಂಟಿಕೊಂಡು ಬರುತ್ತವೆ. ಆದಕಾರಣ ಪಟ್ಟಿಯನ್ನು ಮೊದಲು ನೋಟ್‌ಪ್ಯಾಡಿನಂಥ ಸರಳ ಬರೆಹದ ಕಡತಕ್ಕೆ ತಂದು, ಚಿಹ್ನೆಗಳನ್ನೆಲ್ಲ ಅಳಿಸಿ, ತಾಲೂಕಿನ ಸಾಲಿನ ಆರಂಭದಲ್ಲಿ ಒಂದು ಸಲ, ಊರಿನ ಸಾಲಿನ ಆರಂಭದಲ್ಲಿ ಎರಡು ಸಲ ಟ್ಯಾಬ್ ಕೀಲಿಯನ್ನು ಒತ್ತಬೇಕು. ಸ್ಪೇಸ್ ಕೀಲಿಯಿಂದ ಒಳಸರಿಸಬಾರದು. ಕಣ್ಣಿಗೆ ಎರಡೂ ಒಂದೇ ತೆರನಾಗಿ ಕಂಡರೂ ಸ್ಪ್ರೆಡ್‌ಶೀಟಿಗೆ ಟ್ಯಾಬ್ ಎಂದರೆ ‘ಮುಂದಿನ ಅಂಕಣಕ್ಕೆ ಹೋಗು’ ಎಂಬ ಸೂಚನೆ. ಸ್ಪೇಸ್ ಎಂದರೆ ಹೆಸರಿನದೇ ಒಂದು ಭಾಗ.

ಈಗ ಪಟ್ಟಿಯನ್ನು ನಕಲಿಸಿ A2 ಕೋಶದಲ್ಲಿ ಅಂಟಿಸಿದರೆ ಜಿಲ್ಲೆಗಳು A ಅಂಕಣದಲ್ಲಿ, ತಾಲೂಕುಗಳು B ಅಂಕಣದಲ್ಲಿ, ಊರುಗಳು C ಅಂಕಣದಲ್ಲಿ ಮೆಟ್ಟಿಲುಗಳಂತೆ ನಿಲ್ಲುತ್ತವೆ. ಮೊದಲ ಸಾಲನ್ನು ತಲೆಬರೆಹಗಳಿಗಾಗಿ ಬಿಡಲಾಗಿದೆ. ಮಾಹಿತಿ 2ರಿಂದ 13ರವರೆಗಿನ ಸಾಲುಗಳಲ್ಲಿದೆ. ಇಲ್ಲಿ ಕೋಶಗಳನ್ನು ಒಂದುಗೂಡಿಸಿ ‘ಸೊಲ್ಲಾಪುರ’ ಎಂಬುದನ್ನು ಎಂಟು ಸಾಲುಗಳಿಗೆ ಹರಡುವ ಅಭ್ಯಾಸ ಕೆಲವರಲ್ಲಿದೆ. ನೋಟಕ್ಕೆ ಅದು ಅಂದವಾಗಿ ಕಂಡರೂ ಹೆಸರು ಮೇಲಿನ ಒಂದು ಕೋಶದಲ್ಲಿ ಮಾತ್ರ ಇದ್ದು ಉಳಿದವು ಖಾಲಿಯಾಗಿಯೇ ಇರುತ್ತವೆ.

ಎರಡನೆಯ ಹಂತ: ಖಾಲಿ ಜಾಗವನ್ನು ತುಂಬುವುದು

D ಅಂಕಣದಲ್ಲಿ ಪ್ರತಿಯೊಂದು ಸಾಲಿಗೂ ಅದರ ಜಿಲ್ಲೆಯನ್ನು, E ಅಂಕಣದಲ್ಲಿ ಅದರ ತಾಲೂಕನ್ನು ತರಬೇಕು. D2 ಮತ್ತು E2 ಕೋಶಗಳಲ್ಲಿ ಕ್ರಮವಾಗಿ ಈ ಸೂತ್ರಗಳನ್ನು ಬರೆದು 13ನೆಯ ಸಾಲಿನವರೆಗೆ ಕೆಳಗೆಳೆಯಬೇಕು.

```
=IF(A2<>"",A2,D1)
=IF(A2<>"","",IF(B2<>"",B2,E1))
```

ಮೊದಲ ಸೂತ್ರದ ಅರ್ಥ ಇಷ್ಟೆ: ಈ ಸಾಲಿನಲ್ಲಿ ಜಿಲ್ಲೆಯ ಹೆಸರಿದ್ದರೆ ಅದನ್ನು ತೆಗೆದುಕೊ, ಇಲ್ಲದಿದ್ದರೆ ಮೇಲಿನ ಸಾಲಿಗೆ ಬಂದದ್ದನ್ನೇ ಮುಂದುವರಿಸು. ಎರಡನೆಯ ಸೂತ್ರದಲ್ಲಿ ಒಂದು ಮಾತು ಹೆಚ್ಚಾಗಿದೆ: ಹೊಸ ಜಿಲ್ಲೆ ಆರಂಭವಾದರೆ ತಾಲೂಕನ್ನು ಬರಿದುಮಾಡು. ಈ ಮಾತನ್ನು ಬಿಟ್ಟರೆ 10ನೆಯ ಸಾಲಿನಲ್ಲಿ ಕಲಬುರಗಿ ಜಿಲ್ಲೆಯ ಮಗ್ಗುಲಲ್ಲಿ ‘ದಕ್ಷಿಣ ಸೊಲ್ಲಾಪುರ’ ಎಂದು ಮೂಡುತ್ತದೆ. ಟ್ಯಾಬ್ ತಪ್ಪಿ ಒಂದು ಊರು ತಾಲೂಕಿಲ್ಲದೆ ನೇರವಾಗಿ ಜಿಲ್ಲೆಯ ಕೆಳಗೆ ಬಿದ್ದಿದ್ದರೆ, ಆ ಊರು ಹಿಂದಿನ ಜಿಲ್ಲೆಯ ತಾಲೂಕಿಗೆ ಸದ್ದಿಲ್ಲದೆ ಸೇರಿಬಿಡುತ್ತದೆ. ಬರಿದುಮಾಡುವ ಸೂತ್ರವಿದ್ದರೆ ಅಲ್ಲಿ ಖಾಲಿ ಕೋಶ ಕಾಣಿಸಿಕೊಂಡು ತಪ್ಪು ತಾನಾಗಿ ಬಯಲಾಗುತ್ತದೆ.

ಹೆಸರನ್ನು ಪ್ರತಿ ಸಾಲಿನಲ್ಲೂ ಕೈಯಿಂದ ಬರೆಯದೆ ಸೂತ್ರದಿಂದ ತರುವುದಕ್ಕೆ ಇನ್ನೊಂದು ಕಾರಣವುಂಟು. ಕೈಬರೆಹದಲ್ಲಿ ಒಂದು ಕಡೆ ‘ಅಕ್ಕಲಕೋಟೆ’, ಇನ್ನೊಂದು ಕಡೆ ‘ಅಕ್ಕಲಕೋಟ’ ಎಂದಾಗುವುದು ಸಹಜ. ಓದುವವರಿಗೆ ಇವು ಒಂದೇ. ಎಣಿಸುವ ಯಂತ್ರಕ್ಕೆ ಇವು ಎರಡು ತಾಲೂಕುಗಳು.

ಮೂರನೆಯ ಹಂತ: ಎರಡು ಅಂಕಣಗಳು

F ಅಂಕಣಕ್ಕೆ ‘ಮೇಲ್ಘಟಕ’, G ಅಂಕಣಕ್ಕೆ ‘ಒಳಘಟಕ’ ಎಂದು ಹೆಸರಿಟ್ಟು F2 ಮತ್ತು G2 ಕೋಶಗಳಲ್ಲಿ ಹೀಗೆ ಬರೆಯಬೇಕು.

```
=IF(C2<>"",E2,IF(B2<>"",D2,""))
=A2&B2&C2
```

ಸಾಲು ಊರಿನದಾಗಿದ್ದರೆ ಅದರ ಮೇಲ್ಘಟಕ ತಾಲೂಕು, ತಾಲೂಕಿನದಾಗಿದ್ದರೆ ಜಿಲ್ಲೆ, ಜಿಲ್ಲೆಯದೇ ಆಗಿದ್ದರೆ ಮೇಲ್ಘಟಕವಿಲ್ಲ. ಮೆಟ್ಟಿಲಿನ ರೂಪದಲ್ಲಿ ಪ್ರತಿ ಸಾಲಿಗೂ ಒಂದೇ ಕೋಶ ತುಂಬಿರುವುದರಿಂದ ಮೂರನ್ನೂ ಕೂಡಿಸಿದರೆ ಒಳಘಟಕದ ಹೆಸರು ದೊರೆಯುತ್ತದೆ. ಫಲಿತಾಂಶ ಇಂತಿದೆ.

| ಸಾಲು | ಮೇಲ್ಘಟಕ | ಒಳಘಟಕ |
|---|---|---|
| 2 | | ಸೊಲ್ಲಾಪುರ |
| 3 | ಸೊಲ್ಲಾಪುರ | ಅಕ್ಕಲಕೋಟೆ |
| 4 | ಅಕ್ಕಲಕೋಟೆ | ಅಕ್ಕಲಕೋಟೆ |
| 5 | ಅಕ್ಕಲಕೋಟೆ | ಮೈಂದರ್ಗಿ |
| 6 | ಅಕ್ಕಲಕೋಟೆ | ದುಧನಿ |
| 7 | ಸೊಲ್ಲಾಪುರ | ದಕ್ಷಿಣ ಸೊಲ್ಲಾಪುರ |
| 8 | ದಕ್ಷಿಣ ಸೊಲ್ಲಾಪುರ | ಮಂದ್ರೂಪ |
| 9 | ದಕ್ಷಿಣ ಸೊಲ್ಲಾಪುರ | ವಳಸಂಗ |
| 10 | | ಕಲಬುರಗಿ |
| 11 | ಕಲಬುರಗಿ | ಆಳಂದ |
| 12 | ಕಲಬುರಗಿ | ಅಫಜಲಪುರ |
| 13 | ಅಫಜಲಪುರ | ಗಾಣಗಾಪುರ |

‘ಊರಿನ ಹೆಸರಿಲ್ಲದ ಸಾಲುಗಳನ್ನು ತೆಗೆದುಹಾಕಿದರೆ ಸಾಕಲ್ಲವೆ?’ ಎಂದು ಕೆಲವರು ಕೇಳಬಹುದು. ಜಿಲ್ಲೆ, ತಾಲೂಕು, ಊರು ಎಂಬ ಮೂರು ಅಂಕಣಗಳನ್ನಷ್ಟೇ ಉಳಿಸಿಕೊಳ್ಳುವವರು ಹಾಗೆ ಮಾಡುವುದುಂಟು. ಆಗ ಊರುಗಳಿಲ್ಲದ ಆಳಂದ ಕೋಷ್ಟಕದಿಂದಲೇ ಮಾಯವಾಗುತ್ತದೆ. ಮೇಲ್ಘಟಕ–ಒಳಘಟಕ ರೂಪದಲ್ಲಿ ಅದು 11ನೆಯ ಸಾಲಿನಲ್ಲಿ ಉಳಿದಿದೆ.

ನಾಲ್ಕನೆಯ ಹಂತ: ಪರಿಶೀಲನೆ

4ನೆಯ ಸಾಲನ್ನು ನೋಡಿದರೆ ಅಕ್ಕಲಕೋಟೆಗೆ ಅಕ್ಕಲಕೋಟೆಯೇ ಮೇಲ್ಘಟಕವಾಗಿದೆ. ಹನ್ನೆರಡು ಸಾಲುಗಳಲ್ಲಿ ಇದು ಕಣ್ಣಿಗೆ ಬೀಳುತ್ತದೆ. ಮುನ್ನೂರು ಸಾಲುಗಳಲ್ಲಿ ಬೀಳದು. ಅದಕ್ಕಾಗಿ H2 ಕೋಶದಲ್ಲಿ ಈ ಸೂತ್ರವನ್ನು ಬರೆದು ಕೆಳಗೆಳೆಯಬೇಕು.

```
=IF(F2="","",COUNTIF($G$2:$G$13,F2))
```

ಪ್ರತಿಯೊಂದು ಮೇಲ್ಘಟಕವೂ ಒಳಘಟಕಗಳ ಅಂಕಣದಲ್ಲಿ ಎಷ್ಟು ಸಲ ಬಂದಿದೆ ಎಂಬುದನ್ನು ಇದು ಎಣಿಸುತ್ತದೆ. ಉತ್ತರ 1 ಬಂದರೆ ಸರಿ. ಇಲ್ಲಿ 4, 5, 6ನೆಯ ಸಾಲುಗಳಲ್ಲಿ 2 ಬರುತ್ತದೆ. ಅಂದರೆ ಮೈಂದರ್ಗಿ ಸೇರಿರುವುದು ಅಕ್ಕಲಕೋಟೆ ತಾಲೂಕಿಗೋ ಅಕ್ಕಲಕೋಟೆ ಪಟ್ಟಣಕ್ಕೋ ಎಂಬುದನ್ನು ಕೋಷ್ಟಕ ಹೇಳಲಾರದು. B3 ಕೋಶದಲ್ಲಿ ‘ಅಕ್ಕಲಕೋಟೆ ತಾಲೂಕು’ ಎಂದು ತಿದ್ದಿದೊಡನೆ 4ರಿಂದ 6ರವರೆಗಿನ ಸಾಲುಗಳ ಮೇಲ್ಘಟಕವೂ ಬದಲಾಗಿ ಎಲ್ಲೆಡೆ 1 ಮೂಡುತ್ತದೆ. ಸೊಲ್ಲಾಪುರ ನಗರವನ್ನೂ ಪಟ್ಟಿಗೆ ಸೇರಿಸುವುದಾದರೆ ಜಿಲ್ಲೆಯ ಹೆಸರಿನ ವಿಷಯದಲ್ಲಿಯೂ ಇದೇ ಎಚ್ಚರಿಕೆ ಬೇಕು.

ಮುಂದೆ ಯಾರಾದರೂ ಹೊಸ ಸಾಲನ್ನು ಕೈಯಿಂದ ಬರೆದು ಸೇರಿಸಿದಾಗ 0 ಬಂದರೆ, ಆ ಮೇಲ್ಘಟಕದ ಹೆಸರು ಒಳಘಟಕಗಳಲ್ಲಿ ಎಲ್ಲಿಯೂ ಇಲ್ಲವೆಂದು ತಿಳಿಯಬೇಕು. ಹೆಚ್ಚಿನ ಸಂದರ್ಭಗಳಲ್ಲಿ ಅದು ಕಾಗುಣಿತದ ವ್ಯತ್ಯಾಸ. ಎರಡೂ ಹೆಸರುಗಳು ಕಣ್ಣಿಗೆ ಒಂದೇ ಆಗಿ ಕಂಡರೆ `LEN` ಸೂತ್ರದಿಂದ ಉದ್ದವನ್ನು ಅಳೆಯಬೇಕು. ‘ಅಕ್ಕಲಕೋಟೆ’ ಎಂಬುದು ಓದುವಾಗ ಐದು ಅಕ್ಷರವಾದರೂ `LEN` ಕೊಡುವ ಉತ್ತರ 9, ಏಕೆಂದರೆ ಯಂತ್ರವು ವ್ಯಂಜನ, ವಿರಾಮ ಚಿಹ್ನೆ, ಸ್ವರಚಿಹ್ನೆಗಳನ್ನು ಬೇರೆ ಬೇರೆಯಾಗಿ ಎಣಿಸುತ್ತದೆ. 10 ಬಂದರೆ ಕೊನೆಯಲ್ಲಿ ಒಂದು ಸ್ಪೇಸ್ ಉಳಿದಿರಬಹುದು. 11 ಬಂದರೆ ‘ಕೋ’ದ ಓತ್ವ ಒಂದೇ ಸಂಕೇತವಾಗಿರದೆ ಬಿಡಿ ಬಿಡಿ ಸಂಕೇತಗಳಾಗಿ ಶೇಖರವಾಗಿರಬಹುದು. ಎರಡಕ್ಕೂ ಪರಿಹಾರವೆಂದರೆ ಆ ಹೆಸರನ್ನು ಮತ್ತೆ ಬರೆಯದೆ ಸರಿಯಾದ ಕೋಶದಿಂದ ನಕಲಿಸುವುದು. ಕೊನೆಯದಾಗಿ, ಮೇಲ್ಘಟಕ ಖಾಲಿಯಿರುವ ಸಾಲುಗಳು ಜಿಲ್ಲೆಗಳ ಸಂಖ್ಯೆಯಷ್ಟೇ ಇರಬೇಕು. ಇಲ್ಲಿ ಅವು 2 ಮತ್ತು 10ನೆಯ ಸಾಲುಗಳು ಮಾತ್ರ.

ಜೋಡಿಸುವ ಮುನ್ನ

D ಮತ್ತು E ಅಂಕಣಗಳ ಸೂತ್ರಗಳು ಮೇಲಿನ ಸಾಲನ್ನು ಅವಲಂಬಿಸಿವೆ. ಈ ಸ್ಥಿತಿಯಲ್ಲಿಯೇ ಕೋಷ್ಟಕವನ್ನು ಅಕಾರಾದಿಯಾಗಿ ಜೋಡಿಸಿದರೆ ಪ್ರತಿ ಸಾಲೂ ತನ್ನ ಹೊಸ ನೆರೆಯಿಂದ ತಾಲೂಕನ್ನು ಎರವಲು ಪಡೆಯುತ್ತದೆ. ಗಾಣಗಾಪುರ ದಕ್ಷಿಣ ಸೊಲ್ಲಾಪುರದ ಪಾಲಾಗಬಹುದು. ಆದುದರಿಂದ ಪರಿಶೀಲನೆ ಮುಗಿದ ಮೇಲೆ F ಮತ್ತು G ಅಂಕಣಗಳನ್ನು ನಕಲಿಸಿ, ಹೊಸ ಹಾಳೆಯಲ್ಲಿ `Paste Special` ಮೂಲಕ `Values` ಆಗಿ ಅಂಟಿಸಬೇಕು. ಆಗ ಸೂತ್ರಗಳು ಹೋಗಿ ಹೆಸರುಗಳಷ್ಟೇ ಉಳಿಯುತ್ತವೆ. ಮೆಟ್ಟಿಲಿನ ಹಾಳೆಯನ್ನು ಅಳಿಸದೆ ಮೂಲಪ್ರತಿಯಾಗಿ ಕಾಯ್ದಿರಿಸಬೇಕು.

ಹೊಸ ಹಾಳೆಯನ್ನು ಹೇಗೆ ಜೋಡಿಸಿದರೂ ಸಂಬಂಧ ಕೆಡುವುದಿಲ್ಲ. ಮೇಲ್ಘಟಕ A ಅಂಕಣದಲ್ಲಿದ್ದರೆ, ದಕ್ಷಿಣ ಸೊಲ್ಲಾಪುರದ ಎಷ್ಟು ಊರುಗಳು ಪಟ್ಟಿಯಲ್ಲಿವೆ ಎಂಬ ಪ್ರಶ್ನೆಗೆ ಈ ಒಂದು ಸೂತ್ರ ಸಾಕು, ಉತ್ತರ 2.

```
=COUNTIF(A2:A13,"ದಕ್ಷಿಣ ಸೊಲ್ಲಾಪುರ")
```

ಇದೇ ಕೋಷ್ಟಕದಿಂದ ಸೊಲ್ಲಾಪುರ ಜಿಲ್ಲೆಯ ಒಟ್ಟು ಊರುಗಳನ್ನು ಕೇಳಿದರೆ ಮಾತ್ರ ನೇರವಾದ ಉತ್ತರ ದೊರೆಯದು, ಏಕೆಂದರೆ ಪ್ರತಿ ಸಾಲಿಗೂ ತನ್ನ ಮೇಲಿನ ಒಂದು ಹಂತವಷ್ಟೇ ಗೊತ್ತು. ಅಂತಹ ಎಣಿಕೆ ಪದೇ ಪದೇ ಬೇಕಾಗುವಲ್ಲಿ D ಅಂಕಣದ ಜಿಲ್ಲೆಯನ್ನೂ ಜೊತೆಗೆ ನಕಲಿಸಿಕೊಳ್ಳಬೇಕು.

ಸೊಲ್ಲಾಪುರದ ಕನ್ನಡ ಶಾಲೆಗಳು ಕಚೇರಿಗೆ ಮಾಹಿತಿಯನ್ನು ಮರಾಠಿಯಲ್ಲಿ ಕಳುಹಿಸುವಾಗ ಊರಿನ ಹೆಸರನ್ನು ದೇವನಾಗರಿಯಲ್ಲಿ ಬರೆಯಬೇಕಾಗುತ್ತದೆ. ಅದನ್ನು ಕನ್ನಡದ ಹೆಸರಿನ ಕೋಶದಲ್ಲಿಯೇ ಗೆರೆ ಹಾಕಿ ಸೇರಿಸಿದರೆ ಮೇಲಿನ ಎಣಿಕೆಗಳೆಲ್ಲ ತಪ್ಪುತ್ತವೆ. ಅದಕ್ಕೆ ಮೂರನೆಯ ಅಂಕಣವೊಂದನ್ನು ತೆರೆದು, ಪ್ರತಿ ಒಳಘಟಕದ ಎದುರು ಒಂದೇ ಸಲ ಬರೆದಿಟ್ಟರೆ, ಕನ್ನಡದ ಪಟ್ಟಿಯೂ ಮರಾಠಿಯ ಪಟ್ಟಿಯೂ ಒಂದೇ ಹಾಳೆಯಿಂದ ದೊರೆಯುತ್ತವೆ.