ತಂತಿಯ ಕೆಳಗೆ ಎಂಥ ಏಣಿ?

ಕೊಡಗಿನ ಕಾಫಿ ತೋಟಗಳಲ್ಲಿ ಕಾಳುಮೆಣಸು ಕೊಯ್ಯುವವರು ಹಿಂದೆಲ್ಲ ಹತ್ತುತ್ತಿದ್ದದ್ದು ಬಿದಿರಿನ ಒಂಟಿ ಏಣಿ. ಉದ್ದನೆಯ ಒಂದೇ ಗಳ, ಗೆಣ್ಣಿನ ಹತ್ತಿರ ಕವಲನ್ನು ಗೇಣುದ್ದ ಬಿಟ್ಟು ಕಡಿದರೆ ಅದೇ ಮೆಟ್ಟಿಲು. ಈಗ ಬಹಳಷ್ಟು ತೋಟಗಳಲ್ಲಿ ಅದರ ಜಾಗಕ್ಕೆ ಅಲ್ಯೂಮಿನಿಯಂ ಏಣಿ ಬಂದಿದೆ. ಹಗುರ, ಹುಳ ಹಿಡಿಯುವುದಿಲ್ಲ, ಮಳೆಯಲ್ಲಿ ಬಿಟ್ಟರೂ ಕೊಳೆಯುವುದಿಲ್ಲ. ಒಂದು ಮರದ ಬಳ್ಳಿ ಮುಗಿದ ಮೇಲೆ ಇಳಿದು, ಏಣಿಯನ್ನು ನಿಂತ ನಿಲುವಿನಲ್ಲೇ ಎತ್ತಿಕೊಂಡು ಪಕ್ಕದ ಸಿಲ್ವರ್ ಓಕ್‌ಗೆ ಒರಗಿಸಿಕೊಳ್ಳಬಹುದು. ಕೊಯ್ಲಿನ ಕಾಲದಲ್ಲಿ 'ಏಣಿ ವಿದ್ಯುತ್ ತಂತಿಗೆ ತಗುಲಿ ಕಾರ್ಮಿಕ ಸಾವು' ಎಂಬ ಸುದ್ದಿ ಆಗಾಗ ಪತ್ರಿಕೆಯಲ್ಲಿ ಕಾಣುವುದು ಇದೇ ಎತ್ತಿ ಇಡುವ ಗಳಿಗೆಯಿಂದ. ಹತ್ತುವವನ ಕಣ್ಣು ಬಳ್ಳಿಯ ಮೇಲಿರುತ್ತದೆ, ಏಣಿ ಹೊತ್ತವನ ಕಣ್ಣು ನೆಲದ ಮೇಲೆ. ಏಣಿಯ ತುದಿ ಎಲ್ಲಿದೆ ಎಂದು ನೋಡುವವರು ಯಾರೂ ಇರುವುದಿಲ್ಲ.

ಮನೆಯಲ್ಲೂ ಇದೇ ಕತೆ. ತಾರಸಿಯ ಟ್ಯಾಂಕು ತೊಳೆಯಬೇಕು, ಗೋಡೆಗೆ ಬಣ್ಣ ಹೊಡೆಯಬೇಕು, ದೀಪಾವಳಿಗೆ ಆಕಾಶಬುಟ್ಟಿ ಕಟ್ಟಬೇಕು. ಅಂಗಡಿಗೆ ಹೋದರೆ ಎತ್ತರ ಎಷ್ಟು, ಬೆಲೆ ಎಷ್ಟು ಎಂಬ ಎರಡೇ ಪ್ರಶ್ನೆಯಲ್ಲಿ ವ್ಯಾಪಾರ ಮುಗಿಯುತ್ತದೆ. ಮನೆಯ ಮುಂದೆ ತಂತಿ ಹೋಗಿದೆಯೇ ಎಂದು ಅಂಗಡಿಯವನು ಕೇಳುವುದಿಲ್ಲ, ಕೊಳ್ಳುವವನು ಹೇಳುವುದಿಲ್ಲ.

ಕಂಬದ ಮೇಲಿನ ತಂತಿ ಯಾವುದರಿಂದ ಆಗಿದೆ ಎಂದು ಕೇಳಿದರೆ ಬಹಳ ಜನ 'ತಾಮ್ರ' ಎನ್ನುತ್ತಾರೆ. ಬೀದಿಯ ಲೈನುಗಳಲ್ಲಿ ಇರುವುದು ಸಾಮಾನ್ಯವಾಗಿ ಅಲ್ಯೂಮಿನಿಯಂ, ನಡುವೆ ಬಲಕ್ಕೊಂದು ಉಕ್ಕಿನ ಎಳೆ. ಅಲ್ಯೂಮಿನಿಯಂ ತಾಮ್ರದ ಶೇ. 60ರಷ್ಟು ವಿದ್ಯುತ್ತನ್ನು ಹರಿಸುತ್ತದೆ, ತೂಕ ಮಾತ್ರ ತಾಮ್ರದ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ವಿದ್ಯುತ್ ಕಂಪನಿಗಳು ಅದನ್ನು ಮೆಚ್ಚಿಕೊಂಡದ್ದೂ ಹಗುರ ಎಂಬ ಕಾರಣಕ್ಕೇ. ಅಂದರೆ 20 ಅಡಿಯ ಅಲ್ಯೂಮಿನಿಯಂ ಏಣಿಯನ್ನು ಎತ್ತಿ ಹಿಡಿದವನ ಕೈಯಲ್ಲಿರುವುದು ಮೇಲಿನ ತಂತಿಯದೇ ಲೋಹ, ಅದಕ್ಕಿಂತ ಎಷ್ಟೋ ಪಟ್ಟು ದಪ್ಪ.

ಇನ್ನೊಂದು ತಪ್ಪು ನಂಬಿಕೆ, ತಂತಿಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಇದೆ ಎಂಬುದು. ಮಳೆ ಬಿಸಿಲಿಗೆ ಕಪ್ಪಾದ ಬರಿ ತಂತಿ ದೂರದಿಂದ ಹೊದಿಕೆ ಇದ್ದಂತೆಯೇ ಕಾಣುತ್ತದೆ. ಕೆಲವು ಊರುಗಳಲ್ಲಿ ಹೊದಿಕೆಯ ಕೇಬಲ್ ಎಳೆದಿದ್ದಾರೆ, ನಿಜ. ಆದರೂ ಕಂಬದಿಂದ ಕಂಬಕ್ಕೆ ಹೋಗಿರುವ ತಂತಿಯನ್ನು ಬರಿ ತಂತಿ ಎಂದೇ ಎಣಿಸಬೇಕು.

ಇನ್ನು ಎತ್ತರ. ರಸ್ತೆಯನ್ನು ಅಡ್ಡ ದಾಟುವ ಮನೆಬಳಕೆಯ ಲೈನು ಕನಿಷ್ಠ 5.8 ಮೀಟರ್, ಅಂದರೆ 19 ಅಡಿ ಎತ್ತರದಲ್ಲಿರಬೇಕು ಎನ್ನುತ್ತದೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮ. ರಸ್ತೆಯನ್ನು ಬಿಟ್ಟು ತೋಟ, ಹಿತ್ತಲು, ಖಾಲಿ ಜಾಗದ ಮೇಲೆ ಹೋಗುವ 11 ಕೆವಿವರೆಗಿನ ಬರಿ ತಂತಿಗೆ 4.6 ಮೀಟರ್ ಸಾಕು, ಹೆಚ್ಚೆಂದರೆ 15 ಅಡಿ. ತಂತಿ ಜೋತುಬಿದ್ದಿಲ್ಲ, ಕಂಬ ವಾಲಿಲ್ಲ, ಎಲ್ಲವೂ ಕಾನೂನಿನ ಪ್ರಕಾರವೇ ಇದೆ. ಹಾಗಿದ್ದೂ 20 ಅಡಿಯ ಏಣಿಯನ್ನು ನೆಟ್ಟಗೆ ಹಿಡಿದು ನಡೆದರೆ ಅದು ತಂತಿಯನ್ನು ದಾಟಿ ಐದು ಅಡಿ ಮೇಲಿರುತ್ತದೆ.

ಏಣಿಯ ಕಾಲಿಗೆ ರಬ್ಬರ್ ಇದೆಯಲ್ಲ ಎನ್ನುವವರುಂಟು. ಆ ರಬ್ಬರ್ ಇರುವುದು ಜಾರದಿರಲಿ ಎಂದು. ಅದು ಸವೆದಿರುತ್ತದೆ, ಒದ್ದೆಯಾಗಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಏಣಿಯನ್ನು ಹೊತ್ತು ಸಾಗಿಸುವಾಗ ಅದು ನೆಲಕ್ಕೇ ತಾಗಿರುವುದಿಲ್ಲ. ವಿದ್ಯುತ್ತಿಗೆ ನೆಲಕ್ಕಿಳಿಯಲು ಇರುವ ದಾರಿ ಹಿಡಿದವನ ಅಂಗೈಯಿಂದ ಅಂಗಾಲಿನವರೆಗೆ, ನಡುವೆ ಎದೆ. ಬೆವರಿದ ಮೈ ಒಡ್ಡುವ ತಡೆ ಸುಮಾರು 1,000 ಓಮ್ ಎಂದುಕೊಂಡರೆ 230 ವೋಲ್ಟ್‌ನಲ್ಲಿ ಹರಿಯುವುದು 230 ಮಿಲಿಆಂಪಿಯರ್. ಕೈ ಬಿಡಿಸಿಕೊಳ್ಳಲಾಗದಂತೆ ಸ್ನಾಯು ಸೆಟೆಯಲು 10 ಮಿಲಿಆಂಪಿಯರ್ ಆಸುಪಾಸಿನಲ್ಲೇ ಸಾಕು, ಗುಂಡಿಗೆಯ ಬಡಿತ ಅಡ್ಡಾದಿಡ್ಡಿಯಾಗಲು 100 ಮಿಲಿಆಂಪಿಯರ್ ಧಾರಾಳ. 11 ಕೆವಿ ತಂತಿಯಾದರೆ ಈ ಲೆಕ್ಕಕ್ಕೆ ಅರ್ಥವೇ ಉಳಿಯುವುದಿಲ್ಲ.

ಮನೆಗೆ ಆರ್‌ಸಿಸಿಬಿ ಹಾಕಿಸಿದ್ದೇವೆ, ಅದು ಟ್ರಿಪ್ ಆಗುತ್ತದೆ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಅದು ಕಾಯುವುದು ಮೀಟರಿನಿಂದ ಈಚೆಗಿನ ವೈರಿಂಗನ್ನು. ಕಂಬದ ತಂತಿ ಅದರಿಂದ ಆಚೆಗಿದೆ. ಬೀದಿಯ ಫ್ಯೂಸ್ ಹೋಗುವುದಕ್ಕೆ ಬೇಕಾಗುವಷ್ಟು ಕರೆಂಟು ಒಬ್ಬ ಮನುಷ್ಯನ ಮೈಯಲ್ಲಿ ಹಾದು ಹೋಗುವುದೂ ಇಲ್ಲ.

ಹಾಗಾದರೆ ಬಿದಿರೇ ಒಳ್ಳೆಯದೇ? ಒಣಗಿದ ಬಿದಿರು ವಿದ್ಯುತ್ತನ್ನು ಸುಲಭಕ್ಕೆ ಬಿಡುವುದಿಲ್ಲ. 'ಒಣಗಿದ' ಎಂಬ ಮಾತಿನಲ್ಲೇ ಎಲ್ಲ ಇದೆ. ಹಸಿ ಬಿದಿರಿನ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ ಇರಬಹುದು. ಒಣಮರ ನೀರು ಕುಡಿದು ನೆನೆದರೆ ಅದರ ತಡೆಯುವ ಶಕ್ತಿ ಲಕ್ಷಾಂತರ ಪಟ್ಟು ಇಳಿಯುತ್ತದೆ, ಬಿದಿರೂ ಹಾಗೆಯೇ. ಮೇದಾರರ ಅಂಗಡಿಯಿಂದ ಹೋದ ವಾರ ತಂದ ಏಣಿ, ಜುಲೈ ತಿಂಗಳಲ್ಲಿ ಹಿತ್ತಲಿನ ಗೋಡೆಗೆ ಒರಗಿಸಿಟ್ಟ ಏಣಿ, ಎರಡೂ ನೋಡಲು ಬಿದಿರೇ. ತಂತಿಯ ಹತ್ತಿರ ಅವನ್ನು ಬಿದಿರೆಂದು ನಂಬಿ ಒಯ್ಯಲಾಗದು. ಮೆಟ್ಟಿಲು ಅಲುಗಾಡುತ್ತದೆ ಎಂದು ಗಳದುದ್ದಕ್ಕೂ ಕಬ್ಬಿಣದ ತಂತಿ ಬಿಗಿದರಂತೂ ಬಿದಿರಿನ ಗುಣ ಅಲ್ಲಿಗೆ ಮುಗಿಯಿತು. ಕಟ್ಟುವುದಿದ್ದರೆ ಹಗ್ಗದಲ್ಲಿ ಕಟ್ಟಬೇಕು.

ಬಿದಿರಿನ ಏಣಿಯಲ್ಲಿ ವಿದ್ಯುತ್ತಿಗಿಂತ ಮೊದಲು ಕೈಕೊಡುವುದು ಬಿದಿರೇ. ಮೆಟ್ಟಿಲು ತೂರಿಸಲು ತೂತು ಕೊರೆದ ಜಾಗದಲ್ಲಿ ಉದ್ದಕ್ಕೆ ಸೀಳು ಬಿಡುತ್ತದೆ. ಏಣಿಯ ಕೆಳಗೆ ಹಿಟ್ಟಿನಂಥ ಪುಡಿ ಉದುರಿದ್ದರೆ ಕುಟ್ಟೆ ಹಿಡಿದಿದೆ ಎಂದರ್ಥ. ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಟೊಳ್ಳು. ಬೆರಳ ಗೆಣ್ಣಿನಿಂದ ಬಡಿದಾಗ ಒಂದೊಂದು ಗಂಟಿನ ನಡುವೆ ಒಂದೊಂದು ಸದ್ದು ಬಂದರೆ ಆ ಏಣಿಯ ಮೇಲೆ ಕಾಲಿಡಬಾರದು.

ಮೂರನೆಯದು ಫೈಬರ್ ಏಣಿ. ಗಾಜಿನ ಎಳೆಗಳನ್ನು ರಾಳದಲ್ಲಿ ಅದ್ದಿ, ಬಿಸಿ ಅಚ್ಚಿನ ಮೂಲಕ ಎಳೆದು ಇದರ ಪಕ್ಕದ ಕಾಲುಗಳನ್ನು ಮಾಡುತ್ತಾರೆ. ಗಾಜೂ ವಿದ್ಯುತ್ತನ್ನು ಹರಿಸದು, ರಾಳವೂ ಹರಿಸದು, ನೀರನ್ನೂ ಅಷ್ಟಾಗಿ ಹೀರದು. ಬಿದಿರು ಒಣಗಿದ್ದಾಗಷ್ಟೇ ಕೊಡುವ ರಕ್ಷಣೆಯನ್ನು ಇದು ಹೆಚ್ಚು ನಂಬಿಕೆಯಿಂದ ಕೊಡುತ್ತದೆ. ತೆರೆದ ವಿದ್ಯುತ್ ಭಾಗಕ್ಕೆ ಏಣಿ ತಾಗುವ ಸಂಭವವಿದ್ದರೆ ಪಕ್ಕದ ಕಾಲುಗಳು ವಿದ್ಯುತ್ ಹರಿಸದ ವಸ್ತುವಿನದೇ ಆಗಿರಬೇಕು ಎಂದು ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮ ಕಡ್ಡಾಯ ಮಾಡಿರುವುದು ಇದಕ್ಕೇ.

ಅಷ್ಟರಿಂದ ಫೈಬರ್ ಏಣಿಯೇ ಕವಚ ಎಂದುಕೊಂಡರೆ ಕೆಟ್ಟಿತು. ಅದರ ಮೆಟ್ಟಿಲುಗಳು ಸಾಮಾನ್ಯವಾಗಿ ಅಲ್ಯೂಮಿನಿಯಮ್ಮಿನವೇ. ಮೈಮೇಲೆ ಸಿಮೆಂಟಿನ ಧೂಳು, ಬಣ್ಣ, ಎಣ್ಣೆ ಮೆತ್ತಿ ಅದರ ಮೇಲೆ ಮಳೆ ಬಿದ್ದರೆ ಆ ಕೊಳೆಯ ಪದರವೇ ವಿದ್ಯುತ್ತಿಗೆ ದಾರಿ. ವರ್ಷಗಟ್ಟಲೆ ಬಿಸಿಲಲ್ಲಿ ನಿಂತ ಏಣಿಯ ಮೇಲ್ಪದರ ಸವೆದು ಗಾಜಿನ ಎಳೆಗಳು ಹೊರಗೆ ಇಣುಕುತ್ತವೆ. ಮುಟ್ಟಿದರೆ ಅಂಗೈ ತುರಿಸುತ್ತದೆ, ಗುರುತಿಗೆ ಅಷ್ಟು ಸಾಕು. ತೂಕವೂ ಅದೇ ಅಳತೆಯ ಅಲ್ಯೂಮಿನಿಯಂ ಏಣಿಗಿಂತ ಜಾಸ್ತಿ, ಬೆಲೆಯೂ ಜಾಸ್ತಿ.

ಕೊಳ್ಳುವಾಗ ಬಣ್ಣ ನೋಡಿ ಮೋಸಹೋಗುವುದು ಸುಲಭ. ಫೈಬರ್ ಏಣಿಗಳು ಹೆಚ್ಚಾಗಿ ಹಳದಿ ಇಲ್ಲವೇ ಕಿತ್ತಳೆ, ಆದರೆ ಅದೇ ಬಣ್ಣ ಬಳಿದ ಲೋಹದ ಏಣಿಗಳೂ ಇವೆ. ಅಯಸ್ಕಾಂತ ಹಿಡಿದು ನೋಡಿ ಉಪಯೋಗವಿಲ್ಲ, ಅಲ್ಯೂಮಿನಿಯಂಗೂ ಅದು ಅಂಟುವುದಿಲ್ಲ. ಕಾಲನ್ನು ಬೀಗದಕೈಯಿಂದ ತಟ್ಟಿದರೆ ಲೋಹವಾದರೆ ಠಣ್ ಎನ್ನುತ್ತದೆ, ಫೈಬರ್ ಆದರೆ ಮಂದವಾದ ಸದ್ದು. ಕಾಲಿನ ಕತ್ತರಿಸಿದ ತುದಿಯಲ್ಲಿ ಎಳೆಗಳ ಗುರುತು ಕಾಣಬೇಕು. ಒಳಕ್ಕೆ ಮಡಚಿ ಕಾರಿನ ಡಿಕ್ಕಿಯಲ್ಲಿಡುವ ಕೊಳವೆ ಏಣಿಗಳು ಸಾಮಾನ್ಯವಾಗಿ ಪೂರ್ತಿ ಅಲ್ಯೂಮಿನಿಯಂ, ಅಂಗಡಿಯವನು ಏನೇ ಹೇಳಲಿ.

ಒಂದು ಲೆಕ್ಕ ಹಾಕಿ ನೋಡೋಣ. 30–40 ಸೈಟಿನಲ್ಲಿ ಒಂದಂತಸ್ತಿನ ಮನೆ, ತಾರಸಿಯ ಮೋಟುಗೋಡೆಯವರೆಗೆ 14 ಅಡಿ. ಹತ್ತಿ ಇಳಿಯುವಾಗ ಕೈಗೆ ಆಸರೆ ಸಿಗಲು ಏಣಿ ಅಂಚಿಗಿಂತ 3 ಅಡಿ ಮೇಲೆ ಬರಬೇಕು. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಬುಡವನ್ನು ಗೋಡೆಯಿಂದ ದೂರ ಇಡಬೇಕು, ಅಂದರೆ ಮೂರೂವರೆ ಅಡಿ. ಇಷ್ಟಕ್ಕೆ 18 ಅಡಿಯ ಏಣಿಯಾದರೂ ಬೇಕು, ಕೊಳ್ಳುವುದು 20 ಅಡಿಯದನ್ನು. ಮನೆಯ ಮುಂದೆ, ಗೋಡೆಯಿಂದ 8 ಅಡಿ ಆಚೆಗೆ, 19 ಅಡಿ ಎತ್ತರದಲ್ಲಿ ಲೈನು. ಮುಂಭಾಗದಲ್ಲಿ ಏಣಿಯನ್ನು ಎಬ್ಬಿಸಿ ನಿಲ್ಲಿಸಿದಾಗ ತುದಿಗೂ ತಂತಿಗೂ ನಡುವೆ ಉಳಿಯುವುದು ನಾಲ್ಕೂವರೆ ಅಡಿ. ಗಾಳಿಗೋ ತೂಕಕ್ಕೋ ಏಣಿ ರಸ್ತೆಯ ಕಡೆಗೆ ವಾಲಿದರೆ ಅದು ನೇರ ತಂತಿಗೇ ಹೋಗುತ್ತದೆ. ಏಣಿ ಯಾವ ದಿಕ್ಕಿಗೆ ಬಿದ್ದರೂ ತಾಗದಿರಬೇಕಾದರೆ ಏಣಿಯ ಉದ್ದ ಮತ್ತು ಅದರ ಮೇಲೆ 10 ಅಡಿ, ಒಟ್ಟು 30 ಅಡಿ ದೂರ ಬೇಕು. ಈ ಮನೆಯಲ್ಲಿ ಅಷ್ಟು ದೂರ ಸಿಗುವುದು ಹಿತ್ತಲಿನಲ್ಲಿ ಮಾತ್ರ. ಆದ್ದರಿಂದ ಎರಡು ತುಂಡಾಗಿ ಜಾರುವ ಫೈಬರ್ ಏಣಿಯನ್ನು ಕೊಂಡು, ಮುಚ್ಚಿದಾಗ 11 ಅಡಿಯಷ್ಟಿರುವ ಅದನ್ನು ಇಬ್ಬರು ಅಡ್ಡಡ್ಡ ಹಿಡಿದು ಹಿಂದಕ್ಕೆ ಒಯ್ದು, ಅಲ್ಲಿಯೇ ಉದ್ದ ಮಾಡಿ ಹತ್ತಬೇಕು. ಮುಂದಿನ ಗೋಡೆಗೆ ಬಣ್ಣ ಹೊಡೆಸುವ ದಿನ ಯಾವ ಏಣಿಯೂ ಉತ್ತರವಲ್ಲ. ಅವತ್ತು ವಿದ್ಯುತ್ ಕಚೇರಿಗೆ ಮೊದಲೇ ಬರೆದುಕೊಟ್ಟು ಲೈನ್ ಆಫ್ ಮಾಡಿಸಬೇಕು.

ಮನೆಯೊಳಗಿನ ಕೆಲಸಕ್ಕೆ ಇಷ್ಟು ತಲೆಬಿಸಿ ಬೇಕಿಲ್ಲ. ಅಟ್ಟದಿಂದ ಪಾತ್ರೆ ಇಳಿಸಲು, ಪರದೆ ಹಾಕಲು ಆರು ಅಡಿಯ ಅಲ್ಯೂಮಿನಿಯಂ ಏಣಿ ಚೆನ್ನಾಗಿಯೇ ಇದೆ. ಫ್ಯಾನು, ಲೈಟು ಬಿಚ್ಚುವವರಿದ್ದರೆ ಮಾತ್ರ ಫೈಬರ್ ಲೇಸು. ಆಗಲೂ ಬರಿ ಸ್ವಿಚ್ ಆರಿಸಿದರೆ ಸಾಲದು, ವೈರಿಂಗ್ ಮಾಡಿದವನು ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್‌ಗೆ ಕೊಟ್ಟಿದ್ದರೆ ಫ್ಯಾನಿನಲ್ಲಿ ಕರೆಂಟು ಹಾಗೆಯೇ ಇರುತ್ತದೆ. ಮೇನ್ ಇಳಿಸಿ, ಟೆಸ್ಟರ್ ಇಟ್ಟು ನೋಡಿ, ಆಮೇಲೆ ಹತ್ತಬೇಕು.

ಯಾರದೋ ಏಣಿ ಕಂಬದ ತಂತಿಗೆ ತಗುಲಿ ನಿಂತಿದ್ದರೆ ಅದನ್ನು ಎಳೆಯಲು ಹೋಗಬೇಡಿ, ಒಣ ಕೋಲು ಹಿಡಿದೂ ಹೋಗಬೇಡಿ. ಕರೆಂಟು ಹೋಯಿತು ಎಂದೂ ನಂಬಬೇಡಿ, ಲೈನು ಯಾವ ಕ್ಷಣದಲ್ಲಾದರೂ ಮತ್ತೆ ಬರಬಹುದು. ಜನರನ್ನು ದೂರ ನಿಲ್ಲಿಸಿ 1912ಕ್ಕೆ ಕರೆ ಮಾಡಿ, ಹತ್ತಿರದ ಕಂಬದ ಮೇಲಿನ ಸಂಖ್ಯೆಯನ್ನು ಹೇಳಿ.