ಆ ಕಡತ ಎಲ್ಲಿದೆ?

2000ನೇ ಇಸವಿಯಲ್ಲಿ ಅಮೆರಿಕದಲ್ಲಿ ‘ಆರ್ಮಿಂಗ್ ಅಮೆರಿಕ’ ಎಂಬ ದಪ್ಪ ಪುಸ್ತಕವೊಂದು ಹೊರಬಂತು. ಬರೆದವರು ಎಮೊರಿ ವಿಶ್ವವಿದ್ಯಾಲಯದ ಇತಿಹಾಸ ಪ್ರಾಧ್ಯಾಪಕ ಮೈಕೆಲ್ ಬೆಲೀಲ್. ಅಮೆರಿಕನ್ನರಿಗೆ ಬಂದೂಕಿನ ಹುಚ್ಚು ಮೊದಲಿನಿಂದಲೂ ಇತ್ತು ಅನ್ನುವುದು ಕಟ್ಟುಕತೆ, ಅಲ್ಲಿನ ಅಂತರ್ಯುದ್ಧಕ್ಕೆ ಮುಂಚೆ ಸಾಮಾನ್ಯ ಮನೆಗಳಲ್ಲಿ ಬಂದೂಕು ಅಪರೂಪವಾಗಿತ್ತು ಎಂಬುದು ಅವರ ವಾದ. ಆಧಾರವಾಗಿ ಅವರು ಸತ್ತವರ ಆಸ್ತಿಪಟ್ಟಿಗಳನ್ನು ತೋರಿಸಿದರು. ಯಜಮಾನ ತೀರಿಕೊಂಡಾಗ ಮನೆಯ ಪಾತ್ರೆ, ಹಾಸಿಗೆ, ದನಕರು ಎಲ್ಲವನ್ನೂ ಬರೆದು ನ್ಯಾಯಾಲಯಕ್ಕೆ ಸಲ್ಲಿಸುತ್ತಿದ್ದ ಪಟ್ಟಿಗಳು ಅವು. ಅಂಥ 11,000ಕ್ಕೂ ಹೆಚ್ಚು ಪಟ್ಟಿಗಳನ್ನು ನೋಡಿದ್ದೇನೆ, 1765ರಿಂದ 1790ರ ನಡುವೆ ಬಂದೂಕು ಇದ್ದದ್ದು ನೂರಕ್ಕೆ ಸುಮಾರು 15 ಪಟ್ಟಿಗಳಲ್ಲಿ ಮಾತ್ರ ಎಂದು ಅವರು ಬರೆದಿದ್ದರು. ಮರುವರ್ಷವೇ ಪುಸ್ತಕಕ್ಕೆ ಬ್ಯಾಂಕ್ರಾಫ್ಟ್ ಪ್ರಶಸ್ತಿ ಬಂತು. ಅಮೆರಿಕದ ಇತಿಹಾಸಕಾರರಿಗೆ ಅದಕ್ಕಿಂತ ದೊಡ್ಡ ಮನ್ನಣೆ ಹೆಚ್ಚಿಲ್ಲ.

ಬಂದೂಕಿನ ಪರ ಇರುವವರು ಕೂಗಾಡಿದ್ದರಲ್ಲಿ ಆಶ್ಚರ್ಯವಿಲ್ಲ. ಪುಸ್ತಕಕ್ಕೆ ಕುತ್ತು ಬಂದದ್ದು ಆ ಕೂಗಿನಿಂದಲ್ಲ, ಅದರ ಅಡಿಟಿಪ್ಪಣಿಗಳಿಂದ. ಜೇಮ್ಸ್ ಲಿಂಡ್‌ಗ್ರೆನ್ ಎಂಬ ಕಾನೂನು ಪ್ರಾಧ್ಯಾಪಕರೂ ಇನ್ನು ಕೆಲವರೂ ಆ ಟಿಪ್ಪಣಿಗಳ ಬೆನ್ನು ಹತ್ತಿ ಹೊರಟರು. ರೋಡ್ ಐಲೆಂಡಿನ ಪ್ರಾವಿಡೆನ್ಸ್ ಊರಿನ ಹಳೆಯ ಪಟ್ಟಿಗಳು ಅಚ್ಚಾಗಿದ್ದವು, ಅವನ್ನು ಯಾರು ಬೇಕಾದರೂ ಎಣಿಸಬಹುದಿತ್ತು. ಎಣಿಸಿದರೆ ಲೆಕ್ಕ ತಾಳೆಯಾಗಲಿಲ್ಲ, ಅರ್ಧಕ್ಕಿಂತ ಹೆಚ್ಚು ಗಂಡಸರ ಪಟ್ಟಿಗಳಲ್ಲಿ ಬಂದೂಕು ಸಿಕ್ಕಿತು. ಉಳಿದ ಊರುಗಳ ವಿಷಯದಲ್ಲಿ ತಾಳೆ ನೋಡುವುದಕ್ಕೇ ದಾರಿಯಿರಲಿಲ್ಲ. ಹತ್ತಾರು ಕೌಂಟಿಗಳ ಹೆಸರನ್ನು ಒಂದೇ ಟಿಪ್ಪಣಿಯಲ್ಲಿ ಗುಡ್ಡೆ ಹಾಕಲಾಗಿತ್ತು. ಯಾವ ಕೌಂಟಿಯಿಂದ ಎಷ್ಟು ಪಟ್ಟಿ, ಯಾವ ಸಂಪುಟ, ಯಾವ ಹಾಳೆ ಒಂದೂ ಇರಲಿಲ್ಲ. ಆ ಗುಡ್ಡೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಹೆಸರೂ ಇತ್ತು. ಆ ಊರಿನ ಹಳೆಯ ಆಸ್ತಿಪಟ್ಟಿಗಳು 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಸುಟ್ಟುಹೋಗಿದ್ದವು.

ಆಮೇಲೆ ಬೆಲೀಲ್, ಅವನ್ನು ತಾವು ನೋಡಿದ್ದು ಪಕ್ಕದ ಕೌಂಟಿಯ ಇತಿಹಾಸ ಕೇಂದ್ರದಲ್ಲಿ ಎಂದರು. ಸ್ಯಾನ್ ಫ್ರಾನ್ಸಿಸ್ಕೊದ ಅಂಥ ಕಡತಗಳು ತಮ್ಮಲ್ಲಿಲ್ಲ ಎಂದು ಆ ಕೇಂದ್ರದವರು ಹೇಳಿದರು. ಎಣಿಕೆ ಬರೆದುಕೊಂಡಿದ್ದ ಹಳದಿ ಹಾಳೆಗಳನ್ನಾದರೂ ತೋರಿಸಿ ಅಂದರೆ, ಕಚೇರಿಯ ಕಟ್ಟಡಕ್ಕೆ ನೀರು ನುಗ್ಗಿದಾಗ ಅವು ಹಾಳಾದವು ಎಂಬ ಉತ್ತರ ಬಂತು. ನೀರು ನುಗ್ಗಿದ್ದೇನೋ ನಿಜ. 2002ರಲ್ಲಿ ಮೂವರು ಹೊರಗಿನ ಇತಿಹಾಸಕಾರರ ಸಮಿತಿ ಆ ಕೆಲಸದ ಪ್ರಾಮಾಣಿಕತೆಯನ್ನೇ ಪ್ರಶ್ನಿಸಿತು. ಬೆಲೀಲ್ ಬೇಕೆಂದು ಮಾಡಿದ ಮೋಸವನ್ನು ಒಪ್ಪಲಿಲ್ಲ, ಆದರೆ ಕೆಲಸ ಬಿಟ್ಟರು. ಆ ಡಿಸೆಂಬರಿನಲ್ಲಿ ಪ್ರಶಸ್ತಿಯನ್ನೂ ಹಿಂತೆಗೆದುಕೊಳ್ಳಲಾಯಿತು.

ಅಚ್ಚಾದ ಪುಸ್ತಕವನ್ನು ಉಲ್ಲೇಖಿಸುವಾಗ ಲೇಖಕ ಸ್ವಲ್ಪ ಸೋಮಾರಿಯಾದರೂ ನಡೆದೀತು. ಪುಟಸಂಖ್ಯೆ ತಪ್ಪಿದರೆ ಓದುಗ ಇನ್ನೊಂದು ಪ್ರತಿ ತೆಗೆದು ಹುಡುಕಿಕೊಳ್ಳುತ್ತಾನೆ. ಕೈಬರಹದ ಪತ್ರ, ಸರ್ಕಾರಿ ಕಡತ, ಒಬ್ಬರ ಜೊತೆ ಕೂತು ಆಡಿದ ಮಾತು ಇವಕ್ಕೆ ಇನ್ನೊಂದು ಪ್ರತಿ ಇರುವುದು ಅಪರೂಪ. ಹಾಗಾಗಿ ಟಿಪ್ಪಣಿಯನ್ನು ಅಳೆಯುವುದು ಸುಲಭ. ಮುಖಪರಿಚಯವಿಲ್ಲದ ಒಬ್ಬ ವಿದ್ಯಾರ್ಥಿ ಆ ಟಿಪ್ಪಣಿಯಷ್ಟನ್ನೇ ನೋಡಿ ಪತ್ರಾಗಾರದ ಬೇಡಿಕೆ ಚೀಟಿ ತುಂಬಿದರೆ, ಅವನ ಮೇಜಿಗೆ ಅದೇ ಕಾಗದ ಬರಬೇಕು. ಅಲ್ಪವಿರಾಮ ಎಲ್ಲಿ, ಆವರಣ ಎಲ್ಲಿ ಎಂಬ ಜಗಳವೆಲ್ಲ ಆಮೇಲಿನದು.

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. 1830-31ರ ನಗರ ದಂಗೆಯ ಬಗ್ಗೆ ಒಬ್ಬರು ಪ್ರಬಂಧ ಬರೆಯುತ್ತಿದ್ದಾರೆ. ಮೈಸೂರಿನಲ್ಲಿದ್ದ ಬ್ರಿಟಿಷ್ ರೆಸಿಡೆಂಟ್ ಮದ್ರಾಸಿಗೆ ಬರೆದ ಪತ್ರವೊಂದು ಅವರಿಗೆ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಸಿಕ್ಕಿದೆ ಅನ್ನಿ. ‘ರಾಷ್ಟ್ರೀಯ ಪತ್ರಾಗಾರದ ದಾಖಲೆ, 1831’ ಎಂದು ಬರೆದು ಕೈ ತೊಳೆದುಕೊಂಡವರ ಪ್ರಬಂಧಗಳನ್ನು ಬೇಕಾದಷ್ಟು ನೋಡಬಹುದು. ಕಿಲೋಮೀಟರುಗಟ್ಟಲೆ ಕಪಾಟುಗಳಿರುವ ಕಟ್ಟಡದಲ್ಲಿ ಆ ಟಿಪ್ಪಣಿ ಹಿಡಿದು ಹೋದವರಿಗೆ ಏನೂ ಸಿಗದು. ಬರೆಯಬೇಕಾದದ್ದು ಹೀಗೆ (ದಿನಾಂಕ, ಸಂಖ್ಯೆಗಳು ನಾನು ಊಹಿಸಿಕೊಂಡವು): ಮೈಸೂರು ರೆಸಿಡೆಂಟರಿಂದ ಮದ್ರಾಸ್ ಸರ್ಕಾರದ ಮುಖ್ಯ ಕಾರ್ಯದರ್ಶಿಗೆ ಪತ್ರ, 3 ಜನವರಿ 1831, ಫಾರಿನ್ ಡಿಪಾರ್ಟ್‌ಮೆಂಟ್, ಪೊಲಿಟಿಕಲ್ ಕನ್ಸಲ್ಟೇಷನ್ಸ್, 4 ಫೆಬ್ರವರಿ 1831, ಸಂ. 23, ರಾಷ್ಟ್ರೀಯ ಪತ್ರಾಗಾರ, ನವದೆಹಲಿ.

ಇಲ್ಲಿ ಎರಡು ದಿನಾಂಕ ಯಾಕೆ? ಮೊದಲನೆಯದು ಪತ್ರ ಬರೆದ ದಿನ. ಎರಡನೆಯದು ಆ ಪತ್ರವನ್ನು ಸರ್ಕಾರದ ಸಭೆಯ ಮುಂದಿಟ್ಟು ನಡಾವಳಿಗೆ ಸೇರಿಸಿದ ದಿನ. ಕಂಪನಿ ಸರ್ಕಾರದ ಕಾಗದಗಳನ್ನು ಜೋಡಿಸಿಟ್ಟಿರುವುದು ಈ ಎರಡನೆಯ ದಿನಾಂಕದ ಪ್ರಕಾರ. ಪತ್ರದ ದಿನಾಂಕ ಮಾತ್ರ ಕೊಟ್ಟರೆ ಕಾಗದ ಸಿಗುವುದಿಲ್ಲ, ಸಭೆಯ ದಿನಾಂಕ ಮಾತ್ರ ಕೊಟ್ಟರೆ ಘಟನೆಯೇ ಒಂದು ತಿಂಗಳು ಮುಂದಕ್ಕೆ ಜರುಗಿಬಿಡುತ್ತದೆ. ದಂಗೆಯಂಥ ವಿಷಯದಲ್ಲಿ ಒಂದು ತಿಂಗಳ ವ್ಯತ್ಯಾಸವಾದರೆ ಯಾರು ಮೊದಲು ಕೈ ಮಾಡಿದರು ಎಂಬುದೇ ಬದಲಾದೀತು. ಮುಂದಿನ ಕಾಲದ ಕಡತಗಳಲ್ಲಿ ಬೇರೆ ಬಲೆಗಳಿವೆ. ಸಂಖ್ಯೆಯ ಕೊನೆಗೆ ‘ಕೆ.ಡಬ್ಲ್ಯು.’ ಎಂದಿದ್ದರೆ ಅದು ‘ಕೀಪ್ ವಿತ್’, ಅಂದರೆ ಮುಖ್ಯ ಕಡತದ ಜೊತೆಗಿಟ್ಟ ಟಿಪ್ಪಣಿ ಮತ್ತು ಕರಡುಗಳು. ಅಧಿಕಾರಿಗಳು ಒಬ್ಬರನ್ನೊಬ್ಬರು ಹಂಗಿಸಿಕೊಂಡಿರುವುದು ಬಹಳ ಸಲ ಅಲ್ಲೇ. ಅರ್ಥವಾಗಲಿಲ್ಲವೆಂದು ಆ ಎರಡಕ್ಷರ ಬಿಟ್ಟರೆ ಓದುಗನ ಕೈಗೆ ಬರುವುದು ಸಪ್ಪೆ ಆದೇಶಪತ್ರ ಮಾತ್ರ.

ಕಾಗದದಿಂದ ಶುರುಮಾಡಿ ಕಟ್ಟಡಕ್ಕೆ ಬರುವ ಈ ಕ್ರಮ ಅಮೆರಿಕದ ಶಿಕಾಗೊ ಕೈಪಿಡಿಯ ದಾರಿ. ಬ್ರಿಟನ್ನಿನ ಅನೇಕರು ಕಟ್ಟಡದಿಂದ ಶುರುಮಾಡಿ ಒಳಗೆ ಹೋಗುತ್ತಾರೆ. ಯಾವುದಾದರೂ ಸರಿ.

ಇನ್ನೂ ಸೂಕ್ಷ್ಮವಾದದ್ದು, ಆ ಪತ್ರದ ಯಾವ ಪ್ರತಿಯನ್ನು ನೋಡಿದ್ದು ಎಂಬುದು. ರೆಸಿಡೆಂಟರು ಬರೆದದ್ದು ಮದ್ರಾಸಿಗೆ. ಅಲ್ಲಿಂದ ನಕಲು ಕಲ್ಕತ್ತೆಗೆ, ಇನ್ನೊಂದು ಲಂಡನ್ನಿಗೆ. ಹಾಗಾಗಿ ಒಂದೇ ಪತ್ರ ಈಗ ಚೆನ್ನೈ ಎಗ್ಮೋರಿನ ಪತ್ರಾಗಾರದಲ್ಲೂ ದೆಹಲಿಯಲ್ಲೂ ಬ್ರಿಟಿಷ್ ಲೈಬ್ರರಿಯಲ್ಲೂ ಇರಬಹುದು. ನಕಲು ಮಾಡಿದ ಗುಮಾಸ್ತ ಊರಿನ ಹೆಸರು ಕೆಡಿಸಿರುತ್ತಾನೆ, ಸಾಲು ಹಾರಿಸಿರುತ್ತಾನೆ. ಗಾಂಧೀಜಿಯ ಸಮಗ್ರ ಕೃತಿಗಳ ಸಂಪಾದಕರು ಈ ವಿಷಯದಲ್ಲಿ ಮಾದರಿ ಅನ್ನಬಹುದು. ಪತ್ರಗಳ ಕೆಳಗೆ ‘ಫೋಟೊಸ್ಟಾಟ್‌ನಿಂದ: ಜಿ.ಎನ್.’ ಎಂದೋ ‘ಎಸ್.ಎನ್.’ ಎಂದೋ ಸಂಖ್ಯೆಯ ಸಮೇತ ಸೂಚಿಸಿದ್ದಾರೆ. ಜಿ.ಎನ್. ಅಂದರೆ ದೆಹಲಿಯ ಗಾಂಧಿ ಸಂಗ್ರಹಾಲಯದ್ದು, ಎಸ್.ಎನ್. ಅಂದರೆ ಸಾಬರಮತಿಯದ್ದು. ತಾವು ನೋಡಿದ್ದು ಮೂಲವನ್ನಲ್ಲ, ಅದರ ಛಾಯಾಪ್ರತಿಯನ್ನು ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ.

ಇಷ್ಟು ಪ್ರಾಮಾಣಿಕತೆ ಎಲ್ಲರಿಗೂ ಬರುವುದಿಲ್ಲ. ಇನ್ನೊಬ್ಬರ ಪುಸ್ತಕದಲ್ಲಿ ಕಂಡ ಕಡತದ ಸಂಖ್ಯೆಯನ್ನು ಎತ್ತಿಕೊಂಡು, ಖುದ್ದಾಗಿ ದೆಹಲಿಗೆ ಹೋಗಿ ನೋಡಿಬಂದವರ ಹಾಗೆ ಬರೆಯುವುದು ನಮ್ಮ ಸಂಶೋಧನೆಯ ಹಳೆಯ ರೋಗ. ಹಿಡಿಯುವುದು ಕಷ್ಟವಲ್ಲ. ಮೊದಲ ಪುಸ್ತಕದಲ್ಲಿ 1831 ಅನ್ನುವುದು 1813 ಎಂದು ಅಚ್ಚಾಗಿದ್ದರೆ, ಎತ್ತಿಕೊಂಡವರಲ್ಲೂ 1813 ಎಂದೇ ಇರುತ್ತದೆ. ಮೊದಲ ಲೇಖಕ ಪತ್ರದಲ್ಲಿ ಎಲ್ಲೆಲ್ಲಿ ಚುಕ್ಕೆಗಳನ್ನಿಟ್ಟು ಮಾತು ಬಿಟ್ಟಿದ್ದಾನೋ ಅಲ್ಲಲ್ಲೇ ಇವರೂ ಬಿಟ್ಟಿರುತ್ತಾರೆ. ‘ಇಂಥವರ ಪುಸ್ತಕದಲ್ಲಿ ಉದ್ಧೃತ’ ಎಂದು ಸೇರಿಸುವುದಕ್ಕೆ ಅರ್ಧ ಸಾಲು ಸಾಕು.

ಸಂದರ್ಶನಕ್ಕೆ ಬಂದರೆ ಬೇಡಿಕೆ ಚೀಟಿಯೇ ಇಲ್ಲ. ಹೇಳಿದವರ ಹೆಸರು, ಮಾತಾಡಿಸಿದವರು ಯಾರು, ಊರು, ದಿನಾಂಕ, ಎದುರು ಕೂತೋ ಫೋನಿನಲ್ಲೋ, ಯಾವ ಭಾಷೆಯಲ್ಲಿ, ಧ್ವನಿಮುದ್ರಿಕೆ ಈಗ ಯಾರ ಬಳಿ ಇದೆ ಇವಿಷ್ಟು ಬೇಕು. ತುಳುವಿನಲ್ಲೋ ಲಂಬಾಣಿಯಲ್ಲೋ ಆಡಿದ ಮಾತನ್ನು ಕನ್ನಡದಲ್ಲಿ ಉದ್ಧರಣ ಚಿಹ್ನೆಯೊಳಗೆ ಹಾಕುವವರು ಅನುವಾದ ಯಾರದು ಎಂಬುದನ್ನೂ ಹೇಳಬೇಕು. ನಮ್ಮ ಜಾನಪದ ಪ್ರಬಂಧಗಳಲ್ಲಿ ಕೊನೆಗೆ ವಕ್ತೃಗಳ ಪಟ್ಟಿ ಕೊಡುವ ವಾಡಿಕೆಯಿದೆ. ಒಳ್ಳೆಯದೇ. ಆದರೆ ಯಾವ ಸಂಗತಿ ಯಾರ ಬಾಯಿಂದ ಬಂತು ಎಂಬುದು ಪಟ್ಟಿಯಿಂದ ತಿಳಿಯದು, ಮಾತು ಬಂದಲ್ಲೇ ಟಿಪ್ಪಣಿ ಬೇಕು. ಮನಃಶಾಸ್ತ್ರ, ಸಮಾಜವಿಜ್ಞಾನದವರು ಬಳಸುವ ಎಪಿಎ ಕ್ರಮ ಇದರಲ್ಲಿ ಕಟ್ಟುನಿಟ್ಟು. ಖಾಸಗಿ ಪತ್ರ, ಫೋನಿನ ಮಾತುಕತೆಗಳನ್ನು ಲೇಖನದ ಒಳಗೆ ಹೆಸರು, ದಿನಾಂಕ ಕೊಟ್ಟು ಸೂಚಿಸಿದರೆ ಮುಗಿಯಿತು, ಕೊನೆಯ ಆಕರಪಟ್ಟಿಗೆ ಸೇರಿಸುವಂತಿಲ್ಲ. ಓದುಗ ಹೋಗಿ ನೋಡಲಾಗದ್ದು ಪಟ್ಟಿಯಲ್ಲಿ ಯಾಕೆ ಎಂಬುದು ಅವರ ತರ್ಕ. ಅದೇ ಸಂದರ್ಶನದ ಮುದ್ರಿಕೆಯನ್ನು ಒಂದು ಗ್ರಂಥಾಲಯಕ್ಕೆ ಕೊಟ್ಟು ಸಂಖ್ಯೆ ಪಡೆದರೆ ಅದು ದಾಖಲೆಯಾಗಿ ಪಟ್ಟಿಯೊಳಗೆ ಬರುತ್ತದೆ.

ಹಾಗೆ ಕೊಡುವುದರಲ್ಲೂ ಅಪಾಯವಿದೆ. ಅಮೆರಿಕದ ಬಾಸ್ಟನ್ ಕಾಲೇಜು 2001ರಿಂದ ಕೆಲವು ವರ್ಷ ಉತ್ತರ ಐರ್ಲೆಂಡಿನ ಮಾಜಿ ಉಗ್ರಗಾಮಿಗಳ ಸಂದರ್ಶನಗಳನ್ನು ಸಂಗ್ರಹಿಸಿಟ್ಟಿತು. ಹೇಳಿದವರು ಬದುಕಿರುವತನಕ ಹೊರಗೆ ಬಿಡುವುದಿಲ್ಲ ಎಂಬ ಭರವಸೆಯ ಮೇಲೆ ಅವರು ಬಾಯಿಬಿಟ್ಟಿದ್ದರು. 2011ರಲ್ಲಿ, 1972ರ ಒಂದು ಕೊಲೆಯ ತನಿಖೆಗಾಗಿ ಬ್ರಿಟಿಷ್ ಪೊಲೀಸರ ಪರವಾಗಿ ಅಮೆರಿಕ ಸರ್ಕಾರ ಆ ಮುದ್ರಿಕೆಗಳನ್ನು ಕೇಳಿತು. ನ್ಯಾಯಾಲಯದ ಮುಂದೆ ಕಾಲೇಜಿನ ಭರವಸೆ ನಿಲ್ಲಲಿಲ್ಲ, ಒಂದಿಷ್ಟು ಮುದ್ರಿಕೆಗಳು ಪೊಲೀಸರ ಕೈಸೇರಿದವು.

ನಮ್ಮಲ್ಲಿ ಗುಟ್ಟು ಹೊರಬೀಳುವುದಕ್ಕೆ ಕೋರ್ಟೇ ಬೇಕಿಲ್ಲ. ಹೆಸರು ಬದಲಿಸಿದ್ದೇನೆ ಎಂದು ಹೇಳಿ, ‘ಎಪ್ಪತ್ತೆರಡು ವರ್ಷದ ನಿವೃತ್ತ ಶ್ಯಾನುಭೋಗರು’ ಎಂದು ಹಳ್ಳಿಯ ಹೆಸರಿನ ಸಮೇತ ಬರೆದರೆ ಆ ಊರಿನ ಮಕ್ಕಳಿಗೂ ಗೊತ್ತಾಗುತ್ತದೆ. ಹೆಸರಿನ ಜೊತೆ ಊರನ್ನು ತಾಲ್ಲೂಕಿಗೆ, ವಯಸ್ಸನ್ನು ದಶಕಕ್ಕೆ, ದಿನಾಂಕವನ್ನು ತಿಂಗಳಿಗೆ ಸಡಿಲಿಸಬೇಕು, ಹಾಗೆ ಸಡಿಲಿಸಿದ್ದೇನೆ ಎಂದು ಮೊದಲೇ ಹೇಳಬೇಕು.

ಮನೆಯ ಟ್ರಂಕಿನಲ್ಲಿ ಸಿಗುವ ಪತ್ರಗಳದ್ದು ಬೇರೆ ತಕರಾರು. ‘ಖಾಸಗಿ ಸಂಗ್ರಹ’ ಎಂದರೆ ಸಾಲದು, ಯಾರ ಬಳಿ, ಯಾವ ಊರಿನಲ್ಲಿ, ಎಂದು ನೋಡಿದ್ದು ಎಂಬುದು ಅವರ ಒಪ್ಪಿಗೆಯೊಂದಿಗೆ ಇರಬೇಕು. ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ. ಕಾಗದ ಕೈಯಲ್ಲಿರುವವರದ್ದು, ಅದರ ಮೇಲಿನ ಬರಹದ ಹಕ್ಕು ಬರೆದವರದ್ದು, ಅವರ ನಂತರ ವಾರಸುದಾರರದ್ದು. ಪತ್ರ ಇದೆ ಎಂದು ಸೂಚಿಸುವುದಕ್ಕೆ ಯಾರ ಅಪ್ಪಣೆಯೂ ಬೇಡ. ಪೂರ್ತಿ ಪತ್ರವನ್ನು ಅಚ್ಚು ಹಾಕುವುದಾದರೆ ಬೇಕು. ಸಾರ್ವಜನಿಕರಿಗೆ ತೆರೆದ ಗ್ರಂಥಾಲಯ, ವಸ್ತುಸಂಗ್ರಹಾಲಯಗಳಲ್ಲಿರುವ ಅಪ್ರಕಟಿತ ಬರಹಕ್ಕೆ ನಮ್ಮ 1957ರ ಹಕ್ಕುಸ್ವಾಮ್ಯ ಕಾಯಿದೆ ಒಂದು ರಿಯಾಯಿತಿ ಕೊಟ್ಟಿದೆ. ಬರೆದವರು ಯಾರೆಂದು ಗೊತ್ತಿದ್ದರೆ, ಅವರು ತೀರಿಕೊಂಡು 60 ವರ್ಷ ಕಳೆದ ಮೇಲೆ ಸಂಶೋಧನೆಗಾಗಲಿ ಪ್ರಕಟಣೆಗಾಗಲಿ ಅದನ್ನು ನಕಲು ಮಾಡಿಕೊಳ್ಳಬಹುದು. ಟ್ರಂಕಿನೊಳಗೇ ಉಳಿದ ಪತ್ರಕ್ಕೆ ಈ ರಿಯಾಯಿತಿ ಅನ್ವಯಿಸುವುದಿಲ್ಲ.