ಹಲ್ಲಿನ ಮೇಲೆ ಹೊರಿಸಿದ ಜ್ವರ

ನಾವು ಮಾತಾಡ್ತಾ ಇರೋದು ಐರ್ಲೆಂಡಿನ ಕ್ಲಾಂಡಾಲ್ಕಿನ್‌ನಿಂದ. ಡಬ್ಲಿನ್ ನಗರದ ನೈಋತ್ಯಕ್ಕಿರುವ ಊರು ಇದು, ಹಳೆಯ ದುಂಡು ಗೋಪುರಕ್ಕೆ ಹೆಸರುವಾಸಿ. ಈ ಸಲದ ವಿಷಯಕ್ಕೆ ಪುಸ್ತಕ ಹುಡುಕಿಕೊಂಡು ಹೋಗಬೇಕಾಗಲಿಲ್ಲ, ಅದು ನಮ್ಮ ಮನೆಯ ತೊಟ್ಟಿಲಲ್ಲೇ ಇತ್ತು.

ನಮ್ಮ ಮಗಳಿಗೆ ಆಗ 7 ತಿಂಗಳು, ತೂಕ 8 ಕಿಲೋ. ಒಂದು ಸೋಮವಾರ ಜೊಲ್ಲು ಧಾರಾಕಾರ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ, ರಾತ್ರಿಯೆಲ್ಲ ಕಿರಿಕಿರಿ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ 37.6 ಡಿಗ್ರಿ ಸೆಲ್ಸಿಯಸ್. ದಾವಣಗೆರೆಯಿಂದ ವಿಡಿಯೋ ಕಾಲ್‌ನಲ್ಲಿ ಅಮ್ಮ ಮಗುವಿನ ಬಾಯಿ ನೋಡಿ, "ಹಲ್ಲು ಬರ್ತಿದೆ ಕಣೆ, ನಿಂಗೂ ಹಿಂಗೇ ಆಗಿತ್ತು" ಅಂದರು. ಅಮ್ಮ ಹೇಳಿದ್ದು ಸರಿಯಾಗಿಯೇ ಇತ್ತು. ಬುಧವಾರ ಕೆಳವಸಡಿನ ಮಧ್ಯೆ ಅಕ್ಕಿಕಾಳಿನಷ್ಟು ಬಿಳಿ ಕಾಣಿಸಿತು. ಗುರುವಾರ ಜ್ವರ 39.1ಕ್ಕೆ ಏರಿತು. ಎರಡು ದಿನದಿಂದ "ಹಲ್ಲು, ಹಲ್ಲು" ಅಂತಿದ್ದ ನಮಗೆ ಇದೂ ಹಲ್ಲಿನದೇ ಅನ್ನಿಸಿತು. ಜೀವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದವರೂ ರಾತ್ರಿ ಎರಡು ಗಂಟೆಗೆ ಬೇರೆಯವರ ಹಾಗೇ ಯೋಚಿಸುತ್ತಾರೆ, ಏನು ಮಾಡೋದು.

ಆ ಗುರುವಾರದ ಕಥೆಗೆ ಆಮೇಲೆ ಬರೋಣ. ಮೊದಲು, ಹಲ್ಲು ಬರುವಾಗ ಒಳಗೆ ಆಗೋದೇನು ಅಂತ ನೋಡೋಣ. ಮೊಳೆ ಹಲಗೆಯನ್ನು ತೂರಿ ಬರುವ ಹಾಗೆ ಹಲ್ಲು ವಸಡನ್ನು ಕೊಯ್ದು ಬರುತ್ತೆ ಅಂತ ನಾವು ಅಂದುಕೊಳ್ತೇವೆ. ವಾಸ್ತವದಲ್ಲಿ ಹಲ್ಲಿನ ಸುತ್ತ ಒಂದು ತೆಳು ಚೀಲವಿರುತ್ತೆ. ಅದು ಕಳಿಸುವ ಸಂಕೇತಗಳಿಂದ ಮೇಲಿನ ಮೂಳೆಯನ್ನು ಕರಗಿಸುವ ಜೀವಕೋಶಗಳು ಬಂದು ದಾರಿ ಮಾಡಿಕೊಡುತ್ತವೆ, ಆಮೇಲೆ ವಸಡಿನ ಅಂಗಾಂಶವೂ ತೆಳುವಾಗಿ ಬಿಟ್ಟುಕೊಡುತ್ತೆ. ಈ ಕೆಲಸ ನಡೆಯುವ ಜಾಗದಲ್ಲಿ ಸಣ್ಣ ಉರಿಯೂತ ಇರುತ್ತೆ. ವಸಡು ಕೆಂಪಗೆ ಊದುತ್ತೆ, ನವೆಯಾಗುತ್ತೆ, ಮೈಬಿಸಿ ಸ್ವಲ್ಪ ಏರಬಹುದು. ಆದರೆ ಅಷ್ಟು ಪುಟ್ಟ ಜಾಗದ ಉರಿಯೂತ ಇಡೀ ಮೈಯನ್ನು 39 ಡಿಗ್ರಿಗೆ ಕಾಯಿಸುವಂಥದ್ದಲ್ಲ.

ಇದನ್ನು ಲೆಕ್ಕ ಇಟ್ಟು ನೋಡಿದವರಿದ್ದಾರೆ. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 125 ಮಕ್ಕಳ ತಂದೆತಾಯಿಯರು ದಿನವೂ ಜ್ವರ, ಲಕ್ಷಣ, ಹೊಸ ಹಲ್ಲು ಎಲ್ಲವನ್ನೂ ಬರೆದಿಟ್ಟರು. ಒಟ್ಟು 475 ಹಲ್ಲುಗಳು ಲೆಕ್ಕಕ್ಕೆ ಸಿಕ್ಕವು. ಹಲ್ಲು ಕಾಣುವ ಮುಂಚಿನ 4 ದಿನ, ಕಂಡ ದಿನ, ಆಮೇಲಿನ 3 ದಿನ, ಹೀಗೆ 8 ದಿನಗಳಲ್ಲಿ ಕೆಲವು ಲಕ್ಷಣಗಳು ಹೆಚ್ಚಾಗಿದ್ದವು: ಕಚ್ಚೋದು, ಜೊಲ್ಲು, ವಸಡು ಉಜ್ಜೋದು, ಕಿರಿಕಿರಿ, ಕಿವಿ ತಿಕ್ಕೋದು, ಮುಖದ ಮೇಲೆ ಗುಳ್ಳೆ, ಗಟ್ಟಿ ಆಹಾರ ಬೇಡ ಅನ್ನೋದು, ಅಲ್ಪ ಮೈಬಿಸಿ. ಭೇದಿ, ವಾಂತಿ, ಕೆಮ್ಮು, ಹಾಲು ಕುಡಿಯದಿರೋದು, ಮೈಮೇಲಿನ ಗುಳ್ಳೆ, ಜೋರು ಜ್ವರ, ಇವು ಯಾವುವೂ ಹಲ್ಲಿನ ಜೊತೆಗೆ ಹೊಂದಿಕೊಳ್ಳಲಿಲ್ಲ.

ಹಾಗಾದರೆ "ಹಲ್ಲು ಬರುವಾಗ ಭೇದಿ ಆಗೇ ಆಗುತ್ತೆ" ಅಂತ ನಮ್ಮ ಅಜ್ಜಿಯರೆಲ್ಲ ಹೇಳಿದ್ದು ಸುಳ್ಳಾ? ಅವರು ಕಂಡದ್ದು ನಿಜ, ಹೊಂದಿಸಿದ ಕಾರಣ ಮಾತ್ರ ತಪ್ಪು. ಹಾಲುಹಲ್ಲು ಒಟ್ಟು 20. ಸಾಮಾನ್ಯವಾಗಿ 6 ತಿಂಗಳ ಆಸುಪಾಸಿನಿಂದ ಎರಡೂವರೆ ವರ್ಷದವರೆಗೆ ಬರುತ್ತವೆ, ಅಂದರೆ ಸುಮಾರು 730 ದಿನ. ಹಲ್ಲಿಗೆ 8 ದಿನದ ಹಾಗೆ 20 ಹಲ್ಲಿಗೆ 160 ದಿನ. ಕೆಲವು ಜೋಡಿಯಾಗಿ ಬರುವುದರಿಂದ ಇದಕ್ಕಿಂತ ಕಡಿಮೆಯೇ ಅನ್ನಿ. ಆದರೂ ಹಲ್ಲಿಗೆ ಸಂಬಂಧವೇ ಇಲ್ಲದ ಐದಾರು ಕಾಯಿಲೆಗಳಲ್ಲಿ ಒಂದು ಸುಮ್ಮನೆ ಕಾಕತಾಳೀಯವಾಗಿ ಆ ದಿನಗಳಲ್ಲೇ ಬಿದ್ದುಬಿಡುತ್ತೆ. "ಇನ್ನೇನು ಹಲ್ಲು ಬರುತ್ತೆ" ಅನ್ನೋದನ್ನೂ ಸೇರಿಸಿಕೊಂಡರೆ ಆ ಎರಡು ವರ್ಷದಲ್ಲಿ ಬರೋ ಯಾವ ಕಾಯಿಲೆಯನ್ನೂ ಹಲ್ಲಿಗೆ ಕಟ್ಟಬಹುದು!

ಇನ್ನೊಂದು ಸಂಗತಿಯೂ ಸೇರಿಕೊಳ್ಳುತ್ತೆ. ಬಸುರಿನ ಕೊನೆಯ ತಿಂಗಳುಗಳಲ್ಲಿ ತಾಯಿಯ ರಕ್ತದ ಪ್ರತಿಕಾಯಗಳು ಮಾಸುಚೀಲದ ಮೂಲಕ ಮಗುವಿಗೆ ಇಳಿಯುತ್ತವೆ. ಹುಟ್ಟಿದ ಮೇಲೆ ಆ ದಾಸ್ತಾನು ಕರಗುತ್ತಾ ಹೋಗಿ, ಆರು ತಿಂಗಳ ಹೊತ್ತಿಗೆ ಬಹುಪಾಲು ಮುಗಿದಿರುತ್ತೆ. ಮಗುವಿನ ಸ್ವಂತ ತಯಾರಿಕೆ ಇನ್ನೂ ಆರಂಭದಲ್ಲಿರುತ್ತೆ. ಅದೇ ಹೊತ್ತಿಗೆ ಮಗು ಅಂಬೆಗಾಲಿಟ್ಟು ನೆಲದ ಮೇಲಿದ್ದದ್ದನ್ನೆಲ್ಲ ಬಾಯಿಗಿಡುತ್ತೆ. ಸೋಂಕಿನ ಕಾಲವೂ ಹಲ್ಲಿನ ಕಾಲವೂ ಒಂದೇ. ಜೊಲ್ಲಿನ ವಿಷಯವೂ ಹೀಗೇ. ಮೂರು ನಾಲ್ಕು ತಿಂಗಳಿಗೇ ಜೊಲ್ಲುರಸ ಹೆಚ್ಚುತ್ತೆ, ನುಂಗೋದು ಮಗುವಿಗೆ ಇನ್ನೂ ಸರಿಯಾಗಿ ಬಂದಿರೋದಿಲ್ಲ. ಬರೀ ಜೊಲ್ಲು ನೋಡಿ ಹಲ್ಲಿನ ದಿನ ಹೇಳೋಕೆ ಆಗಲ್ಲ.

ಇನ್ನು ನಿಜವಾಗಿ ಹಲ್ಲಿನದೇ ಕಿರಿಕಿರಿ ಆದಾಗ ಮಾಡೋದೇನು? ಕೈ ಚೆನ್ನಾಗಿ ತೊಳೆದು, ಬೆರಳಿನಿಂದ ವಸಡನ್ನು ಒಂದೆರಡು ನಿಮಿಷ ಒತ್ತಿ ಉಜ್ಜಿ. ನಮ್ಮಲ್ಲಿ ಅತ್ಯಂತ ಕೆಲಸ ಮಾಡಿದ್ದು ಇದೇ. ಒದ್ದೆ ಮಾಡಿದ ಶುಚಿಯಾದ ಹತ್ತಿ ಬಟ್ಟೆಯನ್ನು ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿ ಕಚ್ಚೋಕೆ ಕೊಡಬಹುದು. ಕಚ್ಚುವ ರಬ್ಬರ್ ಆಟಿಕೆಯನ್ನೂ ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಿ ಬೇಡ. ಗಟ್ಟಿಯಾಗಿ ಹೆಪ್ಪುಗಟ್ಟಿದ್ದು ವಸಡಿಗೆ ಪೆಟ್ಟು ಮಾಡುತ್ತೆ. ಘನ ಆಹಾರ ಶುರುವಾಗಿದ್ದರೆ ಆರಿಸಿದ ರಾಗಿ ಸರಿ, ತಣ್ಣನೆಯ ಮೊಸರು ಹಿತವಾಗಿರುತ್ತೆ. ಹಸಿ ಕ್ಯಾರೆಟ್ ತುಂಡು ಕೊಡಬೇಡಿ, ಮುರಿದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಜೊಲ್ಲನ್ನು ಉಜ್ಜದೆ ಒತ್ತಿ ಒರೆಸಿ, ಗಲ್ಲಕ್ಕೆ ತೆಳುವಾಗಿ ವ್ಯಾಸಲೀನ್ ಸವರಿದರೆ ಗುಳ್ಳೆ ಕಡಿಮೆ.

ಇಷ್ಟಕ್ಕೂ ಸುಮ್ಮನಾಗದಿದ್ದರೆ ಪ್ಯಾರಸಿಟಮಾಲ್. ವಿದೇಶದಲ್ಲಿರುವ ಕನ್ನಡದ ಮನೆಗಳವರು ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಿ. ಐರ್ಲೆಂಡಿನಲ್ಲಿ ಸಿಗುವ ಶಿಶುಗಳ ಸಿರಪ್‌ನಲ್ಲಿ 5 ಮಿ.ಲೀ.ಗೆ 120 ಮಿಲಿಗ್ರಾಂ ಇರುತ್ತೆ. ಒಂದು ಸಲದ ಪ್ರಮಾಣ ಕಿಲೋಗೆ ಸುಮಾರು 15 ಮಿಲಿಗ್ರಾಂ. 8 ಕಿಲೋದ ನಮ್ಮ ಮಗಳಿಗೆ 120 ಮಿಲಿಗ್ರಾಂ, ಅಂದರೆ ಸರಿಯಾಗಿ 5 ಮಿ.ಲೀ. ಕನಿಷ್ಠ 4 ಗಂಟೆ ಅಂತರ, 24 ಗಂಟೆಯಲ್ಲಿ 4 ಸಲಕ್ಕಿಂತ ಹೆಚ್ಚಿಲ್ಲ. ಈಗ ಊರಿಂದ ಬಂದವರ ಸೂಟ್‌ಕೇಸ್‌ನಲ್ಲಿ ಬರೋ ಡ್ರಾಪ್ಸ್ ಬಾಟಲಿ ನೋಡಿ. ಭಾರತದಲ್ಲಿ ಶಿಶುಗಳ ಡ್ರಾಪ್ಸ್ ಸಾಮಾನ್ಯವಾಗಿ 1 ಮಿ.ಲೀ.ಗೆ 100 ಮಿಲಿಗ್ರಾಂ. ಅದನ್ನು ಇಲ್ಲಿನ ಅಳತೆಯಲ್ಲಿ 5 ಮಿ.ಲೀ. ಕೊಟ್ಟರೆ 500 ಮಿಲಿಗ್ರಾಂ ಆಯ್ತು, ನಾಲ್ಕು ಪಟ್ಟಿಗೂ ಹೆಚ್ಚು! ಪ್ಯಾರಸಿಟಮಾಲ್ ಮಿತಿ ಮೀರಿದರೆ ಪೆಟ್ಟು ಬೀಳೋದು ಲಿವರ್‌ಗೆ, ಮೊದಲ ದಿನ ಮಗು ಚೆನ್ನಾಗೇ ಕಾಣಬಹುದು. ಭಾರತದಲ್ಲಿ 5 ಮಿ.ಲೀ.ಗೆ 250 ಮಿಲಿಗ್ರಾಂ ಇರುವ ಸಿರಪ್ ಕೂಡ ಇದೆ. ಮನೆಯಲ್ಲಿ ಒಂದೇ ಬಾಟಲಿ ಇಟ್ಟುಕೊಳ್ಳಿ, ಅದರ ಜೊತೆ ಬಂದ ಸಿರಿಂಜ್ ಅಥವಾ ಡ್ರಾಪರ್ ಅದಕ್ಕೆ ಮಾತ್ರ. ಮಗುವಿಗೆ 3 ತಿಂಗಳು ತುಂಬಿಲ್ಲದಿದ್ದರೆ ವೈದ್ಯರನ್ನು ಕೇಳದೆ ಕೊಡಬೇಡಿ.

ವಸಡಿಗೆ ಹಚ್ಚುವ ಮರಗಟ್ಟಿಸುವ ಜೆಲ್ ಬಗ್ಗೆ ಬಹಳ ಜನ ಕೇಳ್ತಾರೆ. ಜೊಲ್ಲು ಅದನ್ನು ಸ್ವಲ್ಪ ಹೊತ್ತಿನಲ್ಲೇ ತೊಳೆದುಬಿಡುತ್ತೆ, ನುಂಗಿದ್ದು ಹೊಟ್ಟೆಗೆ ಹೋಗುತ್ತೆ. ಬೆಂಜೋಕೇನ್ ಇರುವ ಜೆಲ್ ಅಪರೂಪಕ್ಕೆ ರಕ್ತದ ಹಿಮೋಗ್ಲೋಬಿನ್ನಿನ ಕಬ್ಬಿಣವನ್ನು ಬದಲಿಸಿ, ಅದು ಆಮ್ಲಜನಕ ಹೊರದ ಹಾಗೆ ಮಾಡಿಬಿಡುತ್ತೆ. ತುಟಿ, ಉಗುರು ನೀಲಿಯಾಗುತ್ತವೆ. ಎರಡು ವರ್ಷದೊಳಗಿನ ಮಕ್ಕಳಿಗೆ ಇದು ಬೇಡ ಅಂತ ಅಮೆರಿಕದ ಔಷಧ ನಿಯಂತ್ರಕರು 2018ರಲ್ಲಿ ಎಚ್ಚರಿಸಿದರು. ಅದೇ ವರ್ಷ ಅವರು ಹಲ್ಲಿನ ಸರಗಳ ಬಗ್ಗೆಯೂ ಹೇಳಿದರು. ಆಂಬರ್ ಮಣಿಸರ ಹಾಕಿಕೊಂಡು ಮಲಗಿದ್ದ 18 ತಿಂಗಳ ಮಗುವೊಂದು ಅದೇ ಸರ ಬಿಗಿದು ತೀರಿಕೊಂಡಿತ್ತು. ನಮ್ಮ ಕಡೆಯ ಕಪ್ಪು ದಾರ, ಬಜೆ ಸರಕ್ಕೂ ಮಾತು ಅದೇ: ಮಗುವಿನ ಕುತ್ತಿಗೆಗೆ ಏನನ್ನೂ ಕಟ್ಟಬೇಡಿ. ವಸಡಿಗೆ ಜೇನುತುಪ್ಪವೂ ಒಂದು ವರ್ಷದವರೆಗೆ ಬೇಡ. ಅದರಲ್ಲಿರಬಹುದಾದ ಬೊಟುಲಿನಮ್ ಬ್ಯಾಕ್ಟೀರಿಯಾದ ಬೀಜಕಗಳು ಶಿಶುವಿನ ಕರುಳಲ್ಲಿ ಮೊಳೆತು, ಸ್ನಾಯುಗಳನ್ನು ಸೋಲಿಸುವ ವಿಷ ಮಾಡಬಲ್ಲವು.

ಈಗ ಆ ಗುರುವಾರ. 39.1 ನೋಡಿ ಸಿರಪ್ ಕೊಟ್ಟೆವು, ಇಳಿಯಿತು, ಬೆಳಗಿನ ಜಾವ ಮತ್ತೆ ಏರಿತು. ನೆಗಡಿ ಇಲ್ಲ, ಕೆಮ್ಮಿಲ್ಲ. ಹಾಲು ಅರ್ಧಕ್ಕೇ ಬಿಡ್ತಿದ್ದಳು. ಶುಕ್ರವಾರ ಜಿಪಿ ಹತ್ತಿರ ಹೋದೆವು. (ಇಲ್ಲಿ 8 ವರ್ಷದೊಳಗಿನ ಮಕ್ಕಳು ಜಿಪಿಯನ್ನು ಉಚಿತವಾಗಿ ನೋಡಬಹುದು, ಕಾರ್ಡಿಗೆ ಅರ್ಜಿ ಹಾಕದ ಹೊಸಬರು ಇದನ್ನು ಕೇಳಿಸಿಕೊಳ್ಳಲಿ.) ವೈದ್ಯರು ಕಿವಿ, ಗಂಟಲು, ಎದೆ ನೋಡಿದರು. ಹೊಸ ಹಲ್ಲನ್ನೂ ನೋಡಿದರು. ಆಮೇಲೆ "ಮೂತ್ರ ಬೇಕು" ಅಂದರು. ಡೈಪರ್ ಬಿಚ್ಚಿ ಶುಚಿಯಾದ ಬಟ್ಟಲು ಹಿಡಿದು ಕಾಯಬೇಕು, ನಾವು ಕಾದದ್ದು ಮುಕ್ಕಾಲು ಗಂಟೆ. ಪಟ್ಟಿ ಪರೀಕ್ಷೆಯಲ್ಲೇ ಸೋಂಕಿನ ಗುರುತು ಕಂಡಿತು. ಆಂಟಿಬಯಾಟಿಕ್ ಶುರುವಾಯಿತು, ಲ್ಯಾಬಿನ ಕಲ್ಚರ್‌ನಲ್ಲಿ ಇ. ಕೋಲಿ ಬೆಳೆಯಿತು, ಭಾನುವಾರಕ್ಕೆ ಜ್ವರ ಬಿಟ್ಟಿತು.

ಶಿಶುಗಳ ಮೂತ್ರದ ಸೋಂಕು ಹೀಗೇ ಮೋಸ ಮಾಡೋದು. ಉರಿಯುತ್ತೆ ಅಂತ ಅವರು ಹೇಳಲಾರರು, ಹೊರಗೆ ಕಾಣೋದು ಜ್ವರ ಮತ್ತು ಕಿರಿಕಿರಿ ಮಾತ್ರ. ಸೋಂಕು ಮೂತ್ರಪಿಂಡಕ್ಕೆ ಏರಿ ತಡವಾದರೆ ಅಲ್ಲಿ ಕಲೆ ಉಳಿಯಬಹುದು. ಸಿರಪ್‌ಗೆ ಜ್ವರ ಇಳಿಯಿತು ಅಂತ ನಾವು ಸಮಾಧಾನಪಟ್ಟದ್ದೂ ತಪ್ಪು. ಸೋಂಕಿನ ಜ್ವರವೂ ಪ್ಯಾರಸಿಟಮಾಲ್‌ಗೆ ಇಳಿಯುತ್ತೆ.

ಅಂದಿನಿಂದ ನಮ್ಮ ಮನೆಯ ಗೆರೆ 38 ಡಿಗ್ರಿ, ಫ್ಯಾರನ್‌ಹೀಟ್‌ನಲ್ಲಿ 100.4. ಅದನ್ನು ಮುಟ್ಟಿದರೆ ಹಲ್ಲಿನ ಮಾತು ಬಿಟ್ಟು ಬೇರೆ ಕಾರಣ ಹುಡುಕೋದು. 3 ತಿಂಗಳೊಳಗಿನ ಮಗುವಿಗೆ 38 ಆದರೆ ಬೆಳಗಾಗುವ ತನಕ ಕಾಯಬಾರದು, 3ರಿಂದ 6 ತಿಂಗಳಿಗೆ 39 ಆದರೂ ವೈದ್ಯರು ನೋಡಬೇಕು. ಭೇದಿ, ವಾಂತಿ ಇದ್ದರೆ ಒದ್ದೆ ಡೈಪರ್ ಎಣಿಸಿ. ಎಂದಿನ ಅರ್ಧಕ್ಕಿಳಿದಿದ್ದರೆ, ನೆತ್ತಿ ಗುಳಿಬಿದ್ದಿದ್ದರೆ ನೀರು ಕಳೆದುಕೊಂಡಿದೆ ಅಂತಲೇ ಅರ್ಥ. ವಸಡೆಲ್ಲ ಊದಿ, ಬಾಯಲ್ಲಿ ಹುಣ್ಣಾಗಿ, ಜ್ವರದ ಜೊತೆ ಹಾಲೂ ಕುಡಿಯದಿದ್ದರೆ ಅದು ಹರ್ಪಿಸ್ ವೈರಸ್ಸಿನ ಸೋಂಕಿರಬಹುದು, ಇದನ್ನೂ ಹಲ್ಲು ಅಂತ ತಳ್ಳಿಹಾಕೋದುಂಟು. ಏದುಸಿರು, ಎಬ್ಬಿಸಿದರೂ ಏಳದ ಮಂಕು, ಫಿಟ್ಸ್, ಗಾಜಿನ ಲೋಟ ಒತ್ತಿದರೂ ಮಾಸದ ಕಲೆ ಕಂಡರೆ ಜಿಪಿಗೂ ಕಾಯಬೇಡಿ. ಇಲ್ಲಿ 112 ಅಥವಾ 999, ಊರಲ್ಲಾದರೆ 108.

ಎರಡನೇ ಹಲ್ಲು ಹನ್ನೊಂದು ದಿನ ಬಿಟ್ಟು ಬಂತು. ಜೊಲ್ಲು ಇತ್ತು, ಹಟ ಇತ್ತು, ಥರ್ಮಾಮೀಟರ್ 37.5 ತೋರಿಸಿತು. ಫ್ರಿಜ್‌ನಲ್ಲಿಟ್ಟ ಬಟ್ಟೆ ಕಚ್ಚಿಕೊಂಡೇ ಮಲಗಿದಳು, ಬಾಯಿಂದ ಅದನ್ನು ಮೆಲ್ಲಗೆ ತೆಗೆದಿಟ್ಟು ನಾವೂ ಮಲಗಿದೆವು.